ಫ್ಲೆಕ್ಸಿಗೆ ಸಿಕ್ಕ ಸೀಟು

ಕಲ್ಯಾಣಿಯನ್ನು ನಾನು ಬಹಳ ದಿನ ಸಾಧು ಹುಡುಗಿ ಎಂದೇ ತಿಳಿದಿದ್ದೆ. ಬೈದರೆ ತಲೆ ತಗ್ಗಿಸುತ್ತಿದ್ದಳು, ಬುದ್ಧಿ ಹೇಳಿದರೆ ಕಿಟಕಿಯಾಚೆ ನೋಡುತ್ತಿದ್ದಳು, ದೊಡ್ಡವರು ಮಾತಾಡುವಾಗ ಬಾಯಿ ತೆರೆಯುತ್ತಿರಲಿಲ್ಲ. ಎಂಥ ಸಂಸ್ಕಾರ ಎಂದು ನಾನೂ ನಾಲ್ಕು ಜನರ ಮುಂದೆ ಹೊಗಳಿದ್ದುಂಟು. ಅದು ಸಂಸ್ಕಾರವಲ್ಲ, ಸಿಟ್ಟು ಎಂದು ಗೊತ್ತಾಗಿದ್ದು ಅವಳು ಅಪ್ಪ ಅಮ್ಮನಿಗೆ ಕಾಗದ ಬರೆದ ಮೇಲೆ. ಅದೂ ಒಂದೇ ಮನೆಯಲ್ಲಿ, ನಡುವೆ ಒಂದು ಬಾಗಿಲು ಇಟ್ಟುಕೊಂಡು.

ಊರು ಕಳವಾರದಿಂದ ಒಂದೆರಡು ಮೈಲಿ ಆಚೆ. ತಂದೆ ಚನ್ನಕೇಶವ ದ್ರಾಕ್ಷಿ ತೋಟದ ಯಜಮಾನ, ಊರಿನ ಹಾಲಿನ ಡೇರಿಗೆ ಅಧ್ಯಕ್ಷ. ಎರಡನೆಯದನ್ನು ಅವರು ಮೊದಲು ಹೇಳುತ್ತಿದ್ದರು. ಮನೆಯಲ್ಲಿ ಯಾರು ಏನು ಶುರುಮಾಡಿದರೂ ಮುಗಿಸುವವರು ಅವರೇ. ಹೆಂಡತಿ ಮುನಿಲಕ್ಷ್ಮಿ "ಇವತ್ತು ಸಾರಿಗೆ..." ಎನ್ನುವಷ್ಟರಲ್ಲಿ "ಹುರುಳಿಕಾಳು" ಎಂದು ತೀರ್ಪು ಬಂದುಬಿಡುತ್ತಿತ್ತು. ಇಂಥ ಮನೆಯಲ್ಲಿ ಪೂರ್ತಿ ಒಂದು ಮಾತು ಹೇಳಬೇಕಾದರೆ ಬರೆದೇ ಹೇಳಬೇಕು.

ಕಥೆ ಕೆಟ್ಟಿದ್ದು ಅಣಕು ಹಂಚಿಕೆಯ ದಿನ. ಸಿಇಟಿ ಬರೆದವರು ತಮಗೆ ಬೇಕಾದ ಕಾಲೇಜು, ಕೋರ್ಸುಗಳನ್ನು ಇಷ್ಟದ ಕ್ರಮದಲ್ಲಿ ಕಂಪ್ಯೂಟರಿಗೆ ತುಂಬಬೇಕು. ಆಮೇಲೆ ಸರ್ಕಾರದವರು, ಈಗಿರುವ ಲೆಕ್ಕದಲ್ಲಿ ನಿಮಗೆ ಇಂಥ ಸೀಟು ಸಿಗಬಹುದು, ಬೇಕಾದರೆ ಕ್ರಮ ತಿದ್ದಿಕೊಳ್ಳಿ ಎಂದು ಒಂದು ಸಲ ಸುಮ್ಮನೆ ಹಂಚಿ ತೋರಿಸುತ್ತಾರೆ. ಹೆಸರೇ ಅಣಕು. ಆ ಅಣಕಿನಲ್ಲಿ ಕಲ್ಯಾಣಿಗೆ ಬೆಂಗಳೂರಿನ ಒಂದು ಹೆಸರುವಾಸಿ ಖಾಸಗಿ ಕಾಲೇಜಿನ ಕಂಪ್ಯೂಟರ್ ಸೈನ್ಸ್ ಬಂದಿತ್ತು.

"ಅಪ್ಪ, ಇದು ನಿಜವಾದ್ದಲ್ಲ, ಎಲ್ಲಾರೂ ಈಗ ಆಪ್ಷನ್ ಬದಲಾಯಿಸ್ತಾರೆ..." ಎಂದು ಅವಳು ಶುರುಮಾಡಿದಳು.

"ಸೀಟು ಸೀಟೇ ಕಣಮ್ಮ," ಎಂದು ಅಪ್ಪ ಮುಗಿಸಿದರು.

ಮಾರನೆಯ ದಿನ ಬಸ್ ಸ್ಟಾಪಿನಲ್ಲಿ ಫ್ಲೆಕ್ಸ್ ಎದ್ದಿತ್ತು. ಕಾಲೇಜಿನ ಹೆಸರು, ಕಂಪ್ಯೂಟರ್ ಸೈನ್ಸ್, ಹಾರ್ದಿಕ ಅಭಿನಂದನೆಗಳು. ನಡುವೆ ಬಿಳಿ ಅಂಗಿ ತೊಟ್ಟು ಕೈಮುಗಿದು ನಿಂತ ಚನ್ನಕೇಶವ, ಆಳೆತ್ತರ. ಮೂಲೆಯಲ್ಲಿ ಹಾಲ್ ಟಿಕೆಟ್ಟಿನ ಫೋಟೋದಿಂದ ಕತ್ತರಿಸಿ ಅಂಟಿಸಿದ ಕಲ್ಯಾಣಿ, ಒಂದು ಕಿವಿ ಇಲ್ಲ. ಸಿಇಟಿಯಲ್ಲಿ ರ‍್ಯಾಂಕು ಪಡೆದದ್ದು ಡೇರಿ ಅಧ್ಯಕ್ಷರೇ ಎಂದು ದಾರಿಹೋಕರು ತಿಳಿದುಕೊಂಡರೆ ತಪ್ಪೇನೂ ಇರಲಿಲ್ಲ.

ನಿಜವಾದ ಮೊದಲ ಸುತ್ತಿನಲ್ಲಿ ಆ ಸೀಟು ಹಾರಿಹೋಯಿತು. ಮೇಲಿನ ರ‍್ಯಾಂಕಿನವರು ಕ್ರಮ ತಿದ್ದಿಕೊಂಡಿದ್ದರು. ಕಲ್ಯಾಣಿಗೆ ಸಿಕ್ಕಿದ್ದು ಒಂದು ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನ ಎಲೆಕ್ಟ್ರಾನಿಕ್ಸ್. ಅವಳಿಗೇನೋ ಖುಷಿಯೇ ಆಯಿತು. ಅಪ್ಪ ಮಾತ್ರ ಸಾವಿನ ಸುದ್ದಿ ಬಂದವರಂತೆ ಕೂತರು.

"ಫ್ಲೆಕ್ಸ್ ಹಾಕ್ಬಿಟ್ಟಿದೀವಲ್ಲಮ್ಮ," ಎಂದರು.

ಆಗ ಬಂದವರು ಮೋಹನ್‌ಬಾಬು, ಮುನಿಲಕ್ಷ್ಮಿಯ ಅಣ್ಣ, ಬೆಂಗಳೂರಿನಲ್ಲಿ ಎಲ್ಲರೂ ತನಗೆ ಗೊತ್ತು ಎಂಬ ನಂಬಿಕೆಯ ಮೇಲೆ ಬದುಕಿರುವ ಮನುಷ್ಯ. "ಅದಕ್ಯಾಕೆ ಭಾವ ತಲೆ ಕೆಡಿಸ್ಕೊಳ್ತೀರ? ಅದೇ ಕಾಲೇಜು, ಅದೇ ಸಿಎಸ್, ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಕೊಡಿಸ್ತೀನಿ. ಫ್ಲೆಕ್ಸಲ್ಲಿ ಸಿಇಟಿ ಅಂತ ಬರ್ದಿಲ್ಲ ತಾನೆ?"

ಬರೆದಿರಲಿಲ್ಲ. ಚನ್ನಕೇಶವರ ಮುಖಕ್ಕೆ ರಕ್ತ ಬಂತು. ಗೌರಿಬಿದನೂರು ರಸ್ತೆಯ ಸೈಟು ಮಾರುವುದೆಂದೂ ಅಲ್ಲೇ ತೀರ್ಮಾನವಾಯಿತು. ಕಲ್ಯಾಣಿ ಕಿಟಕಿಯಾಚೆ ನೋಡುತ್ತಿದ್ದಳು.

ಸಿಇಟಿ ಸೀಟಿಗೆ ಒಪ್ಪಿಗೆ ಕೊಡಲು ಗಡುವು ಇರುತ್ತದೆ. ಒಪ್ಪಿಗೆ ಕಂಪ್ಯೂಟರಿನಲ್ಲೇ ಕೊಡಬಹುದು, ಆದರೆ ಕೊನೆಗೊಂದು ಓಟಿಪಿ ಕೇಳುತ್ತದೆ, ಅದು ಅರ್ಜಿಯಲ್ಲಿ ಕೊಟ್ಟ ಫೋನಿಗೆ ಬರುತ್ತದೆ. ಗ್ಯಾಸಿನಿಂದ ಹಿಡಿದು ಕರೆಂಟ್ ಬಿಲ್ಲಿನವರೆಗೆ ಎಲ್ಲಕ್ಕೂ ತನ್ನ ನಂಬರೇ ಇರಬೇಕೆನ್ನುವ ಚನ್ನಕೇಶವರು ಅರ್ಜಿಗೂ ತಮ್ಮದನ್ನೇ ಕೊಟ್ಟಿದ್ದರು. ಅಪ್ಪ ಸ್ನಾನಕ್ಕೆ ಹೋದಾಗ ಫೋನು ತೆಗೆದು ಕೆಲಸ ಮುಗಿಸಬಹುದಿತ್ತು. ಕಲ್ಯಾಣಿಗೆ ಅದು ಬೇಕಿರಲಿಲ್ಲ. ಕದ್ದು ಒಪ್ಪಿಕೊಂಡರೆ ತಪ್ಪು ತನ್ನದಾಗುತ್ತದೆ, ಈ ಸಲ ತಪ್ಪು ಯಾರದೋ ಅವರ ಹತ್ತಿರವೇ ಇರಲಿ ಎಂದುಕೊಂಡಳು.

ಗಡುವಿನ ದಿನ ಬೆಳಿಗ್ಗೆ, ಚಾರ್ಜಿಗೆ ಹಾಕಿದ್ದ ಅಪ್ಪನ ಫೋನಿನ ಕೆಳಗೆ ಕಾಗದ ಇಟ್ಟು, ಒಳಗಿನ ಕೋಣೆಗೆ ಹೋಗಿ ಲ್ಯಾಪ್‌ಟಾಪ್ ತೆರೆದು ಕೂತಳು. ಬಾಗಿಲು ಅರ್ಧ ತೆರೆದೇ ಇತ್ತು.

ಹೊರಗೆ ಮೋಹನ್‌ಬಾಬು ಉಪ್ಪಿಟ್ಟು ತಿನ್ನುತ್ತಿದ್ದರು. ಅಜ್ಜಿ ಅಕ್ಕಯಮ್ಮ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಚನ್ನಕೇಶವರು ಕಾಗದ ಬಿಡಿಸಿ ಮೊದಲ ಸಾಲು ನೋಡಿದರು. ಮನೆಯಲ್ಲಿ ನೀನು ಎನ್ನುವ ಮಗಳು ಕಾಗದದಲ್ಲಿ ನೀವು ಎಂದಿದ್ದಳು. "ನೋಡಿದ್ರಾ, ಕ್ಷಮಾಪಣೆ ಕೇಳವ್ಳೆ," ಎಂದು ಎಲ್ಲರಿಗೂ ಕೇಳಲಿ ಎಂದು ಗಟ್ಟಿಯಾಗಿ ಓದತೊಡಗಿದರು. ಆ 'ನೀವು' ಕೇಳಿ ಅಡುಗೆಮನೆಯಲ್ಲಿ ಮುನಿಲಕ್ಷ್ಮಿಯ ಕೈ ಮಾತ್ರ ನಿಂತಿತು.

"ಅಪ್ಪ, ನಿಮಗೆ ನಮಸ್ಕಾರ. ಅಮ್ಮ, ನಿಮಗೂ ನಮಸ್ಕಾರ. ನನ್ನ ಮುಂದೆ ಎರಡು ಸೀಟು ಇವೆ. ಒಂದು ನನಗೆ ಸಿಕ್ಕಿದ್ದು, ಇನ್ನೊಂದು ಫ್ಲೆಕ್ಸಿಗೆ ಸಿಕ್ಕಿದ್ದು."

ಚನ್ನಕೇಶವರು ಕನ್ನಡಕ ಸರಿಮಾಡಿಕೊಂಡರು.

"ಚದುವು ರಾ, ನಿಂತೋಯ್ತು," ಎಂದಳು ಅಕ್ಕಯಮ್ಮ, ಓದಪ್ಪ ಎಂಬುದನ್ನು ತೆಲುಗಿನಲ್ಲಿ ಹೇಳಿದರೆ ಮಗ ಬೇಗ ಕೇಳುತ್ತಾನೆ ಎಂಬ ಅನುಭವದ ಮೇಲೆ.

"ಖಾಸಗಿ ಕಾಲೇಜು ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಅಲ್ಲಿಗೆ ಕಂಪನಿಗಳು ಜಾಸ್ತಿ ಬರುತ್ತವೆ. ಸರ್ಕಾರಿ ಕಾಲೇಜಿಗೆ ಕಮ್ಮಿ. ಇಲ್ಲಿ ಎಷ್ಟೋ ಪಾಠ ಅತಿಥಿ ಉಪನ್ಯಾಸಕರು ಮಾಡುತ್ತಾರೆ, ಅವರು ಸೆಮಿಸ್ಟರ್ ನಡುವೆ ಬಿಟ್ಟುಹೋದರೆ ಸ್ವಲ್ಪ ದಿನ ಕ್ಲಾಸೇ ಇರುವುದಿಲ್ಲ. ಹಾಸ್ಟೆಲ್ಲಿನಲ್ಲಿ ನೀರಿನ ತೊಂದರೆ ಇದೆ. ಇದನ್ನೆಲ್ಲ ಸರ್ಕಾರಿ ಕಾಲೇಜಿನಲ್ಲಿ ಓದುತ್ತಿರುವ ಹುಡುಗಿಯರನ್ನೇ ಕೇಳಿ ತಿಳಿದುಕೊಂಡಿದ್ದೇನೆ.

"ಆದರೆ ಲ್ಯಾಬು ನೋಡಿದೆ. ಸರ್ಕಾರಿ ಕಾಲೇಜಿನಲ್ಲಿ ಕರೆಂಟಿನ ಅಲೆ ತೋರಿಸುವ ಆಸಿಲೋಸ್ಕೋಪ್ ಹಳೆಯದು, ಆದರೆ ಹುಡುಗರು ಅದರ ಮುಂದೆ ಕೂತಿದ್ದರು. ಖಾಸಗಿ ಕಾಲೇಜಿನಲ್ಲಿ ನನಗೆ ತೋರಿಸಿದ್ದು ಈಜುಕೊಳ. ಕಂಪ್ಯೂಟರ್ ಸೈನ್ಸಿಗೆ ಎಷ್ಟು ಸೆಕ್ಷನ್ ಅಂತ ಕೇಳಿದರೆ ಕಾಫಿ ಕೊಟ್ಟರು. ಹೊರಗೆ ಜ್ಯೂಸ್ ಅಂಗಡಿಯಲ್ಲಿ ಕೊನೇ ವರ್ಷದವರನ್ನು ಕೇಳಿದೆ. ಬೋರ್ಡಿನಲ್ಲಿ ದೊಡ್ಡದಾಗಿ ಹಾಕಿರುವ ಸಂಬಳ ಒಬ್ಬನಿಗೆ ಬಂದದ್ದಂತೆ. ಉಳಿದವರಿಗೆ ಎಷ್ಟು ಅಂತ ಬೋರ್ಡಿನಲ್ಲಿ ಇಲ್ಲ."

"ಇವ್ಳು ಕಾಲೇಜ್ ನೋಡಕ್ಕೆ ಹೋಗಿದ್ಲೋ, ತನಿಖೆಗೋ?" ಎಂದು ಮೋಹನ್‌ಬಾಬು ನಕ್ಕರು.

"ಕಂಪ್ಯೂಟರ್ ಸೈನ್ಸ್ ಓದಿದವರಿಗೆ ಮಾತ್ರ ಕೆಲಸ ಎಂದು ಮಾವ ಹೇಳುತ್ತಾರೆ. ಎಲೆಕ್ಟ್ರಾನಿಕ್ಸ್‌ನವರನ್ನು ಸಾಫ್ಟ್‌ವೇರ್ ಕಂಪನಿಗಳೂ ಕರೆಯುತ್ತವೆ, ಅವರ ಪರೀಕ್ಷೆ ಪಾಸಾಗಬೇಕು ಅಷ್ಟೆ. ಅದೂ ಅಲ್ಲದೆ ನನಗೆ ಎಲೆಕ್ಟ್ರಾನಿಕ್ಸೇ ಇಷ್ಟ. ಇದನ್ನು ಇಲ್ಲಿಯವರೆಗೆ ಯಾರೂ ಕೇಳಿಲ್ಲ.

"ಈ ಸೀಟು ಒಪ್ಪಿಕೊಳ್ಳಲು ನಾಲ್ಕು ದಾರಿ ಕೊಟ್ಟಿದ್ದಾರೆ. ಒಂದನೆಯದು, ಸಾಕು, ಇದೇ ಕಾಲೇಜಿಗೆ ಸೇರುತ್ತೇನೆ. ಎರಡನೆಯದು, ಇದನ್ನು ಇಟ್ಟುಕೊಂಡು ಇದಕ್ಕಿಂತ ಮೇಲೆ ಬರೆದ ಕಾಲೇಜಿಗೆ ಮುಂದಿನ ಸುತ್ತಿನಲ್ಲಿ ಕಾಯುತ್ತೇನೆ. ಮೂರನೆಯದು, ಇದು ಬೇಡ, ಮುಂದಿನ ಸುತ್ತು ನೋಡುತ್ತೇನೆ. ನಾಲ್ಕನೆಯದು, ಏನೂ ಬೇಡ. ಮಾವ ನಾಲ್ಕನೆಯದು ಒತ್ತು ಅಂತಾರೆ. ಒತ್ತಿದರೆ ನಾನು ಸಿಇಟಿಯಿಂದಲೇ ಹೊರಗೆ. ಆಮೇಲೆ ಖಾಸಗಿ ಕಾಲೇಜಿನವರು ಹೇಳಿದ್ದೇ ಫೀಸು.

"ಎರಡನೆಯದು ಯಾಕೆ ಬೇಡ ಅಂದರೆ, ಅದರಲ್ಲಿ ಮೇಲಿನ ಕಾಲೇಜು ಸಿಕ್ಕರೆ ಈಗಿನ ಸೀಟು ತಾನಾಗಿ ಹೋಗುತ್ತದೆ, ತಿರುಗಿ ಕೇಳುವ ಹಾಗಿಲ್ಲ. ನನ್ನ ಪಟ್ಟಿಯಲ್ಲಿ ಮೇಲೆ ಇರುವುದು ಹೆಸರುವಾಸಿ ಕಾಲೇಜು, ಆಮೇಲೆ ಮಾವ ಮೊದಲೇ ಫೋನಿನಲ್ಲಿ ಹೇಳಿ ಸೇರಿಸಿದ ಕಾಲೇಜುಗಳು. ಹೆಸರುವಾಸಿಯದು ಹೋದ ವರ್ಷ ಕೊನೇ ಸುತ್ತಿನಲ್ಲೂ ನನ್ನ ರ‍್ಯಾಂಕಿನ ಹತ್ತಿರಕ್ಕೆ ಬಂದಿಲ್ಲ. ಮಾವನ ಕಾಲೇಜುಗಳನ್ನು ಅಳಿಸಿದರೆ ಕಾಯಲು ಏನೂ ಉಳಿಯುವುದಿಲ್ಲ. ಆದ್ದರಿಂದ ಒಂದನೆಯದು.

"ಈ ಸೀಟು ಸಿಕ್ಕಿದ್ದು ಊರಿನ ಶಾಲೆಯಲ್ಲಿ ಕನ್ನಡದಲ್ಲಿ ಓದಿದವರಿಗೆ ಇರುವ ಮೀಸಲಿನಲ್ಲಿ. ಅದನ್ನು ಎಸೆದು ಸೈಟು ಮಾರಿ ಇನ್ನೊಂದು ಕೊಳ್ಳುವುದು ನನಗೆ ಅವಮಾನ. ಸೈಟು ಅಮ್ಮನ ಹೆಸರಿನಲ್ಲಿದೆ. ಅಮ್ಮನನ್ನು ಯಾರಾದರೂ ಕೇಳಿದ್ದೀರಾ?"

ಚನ್ನಕೇಶವರ ದನಿ ಇಲ್ಲಿ ಡೇರಿಯ ಹಾಲಿಗಿಂತ ತೆಳ್ಳಗಾಯಿತು. ಮುಂದಿನ ಸಾಲನ್ನು ಅವರು ಕಣ್ಣಿನಲ್ಲೇ ಓದಿ ಕಾಗದ ಮಡಚಲು ನೋಡಿದರು. ಮುನಿಲಕ್ಷ್ಮಿ ಸೆರಗಿಗೆ ಕೈ ಒರೆಸಿಕೊಂಡು ಬಂದು ಅದನ್ನು ತೆಗೆದುಕೊಂಡಳು. ಒಂದೊಂದೇ ಅಕ್ಷರ ಕೂಡಿಸಿ, ಗಂಡನಿಗಿಂತ ಸ್ಪಷ್ಟವಾಗಿ ಓದಿದಳು.

"ಮಾವ ನನ್ನನ್ನು ಆ ಕಾಲೇಜಿನ ಆಫೀಸಿಗೆ ಕರೆದುಕೊಂಡು ಹೋದಾಗ, ಅಲ್ಲಿಯ ಗುಮಾಸ್ತರು ಎದ್ದು ನಿಂತು, ಸಾರ್, ಈ ವರ್ಷ ನಿಮ್ಮ ಕಡೆಯಿಂದ ಈ ಅಡ್ಮಿಷನ್ ಎಷ್ಟನೇದು ಎಂದು ಕೇಳಿದರು. ಮಾವ ನನ್ನನ್ನು ನೀರು ಕುಡಿದು ಬಾ ಅಂತ ಕಳಿಸಿದರು. ನನಗೆ ಬಾಯಾರಿಕೆ ಇರಲಿಲ್ಲ. ನನ್ನ ಒರಿಜಿನಲ್ ಮಾರ್ಕ್ಸ್ ಕಾರ್ಡು ಅಲ್ಲೇ ಕೊಟ್ಟು ಬರಬೇಕು ಅಂದರು. ಕೊಟ್ಟಿದ್ದರೆ ಬಿಟ್ಟು ಬರುವುದು ಕಷ್ಟವಾಗುತ್ತಿತ್ತು. ಮನೆಯಲ್ಲಿ ಮರೆತು ಬಂದೆ ಎಂದು ಸುಳ್ಳು ಹೇಳಿದೆ. ಅದು ಬ್ಯಾಗಿನಲ್ಲೇ ಇತ್ತು.

"ಒಳಗಡೆ ಕಂಪ್ಯೂಟರಿನಲ್ಲಿ ಒಂದನೆಯದನ್ನು ಆರಿಸಿ ಕೂತಿದ್ದೇನೆ. ನೀವು ಓದಿ ಮುಗಿಸಿದ ಮೇಲೆ ಒತ್ತುತ್ತೇನೆ. ಓಟಿಪಿ ಅಪ್ಪನ ಫೋನಿಗೆ ಬರುತ್ತದೆ. ಹೇಳಿದರೆ ಕಾಲೇಜಿಗೆ ಹೋಗುತ್ತೇನೆ. ಹೇಳದಿದ್ದರೆ ಈ ವರ್ಷ ಮನೆಯಲ್ಲಿರುತ್ತೇನೆ. ಆ ಖಾಸಗಿ ಕಾಲೇಜಿಗೆ ಮಾತ್ರ ನಾನು ಹೋಗುವುದಿಲ್ಲ. ಬೇಕಾದರೆ ಫ್ಲೆಕ್ಸಿನಲ್ಲಿ ದೊಡ್ಡದಾಗಿ ಇರುವವರೇ ಹೋಗಿ ಸೇರಿಕೊಳ್ಳಲಿ. ಇಂತಿ, ಕಲ್ಯಾಣಿ."

ಒಳಗೆ ಕಲ್ಯಾಣಿ ಓಟಿಪಿ ಕಳಿಸುವ ಗುಂಡಿ ಒತ್ತಿದಳು.

"ಎಷ್ಟನೇದಣ್ಣ?" ಎಂದು ಮುನಿಲಕ್ಷ್ಮಿ ಅಣ್ಣನನ್ನು ಕೇಳಿದಳು.

"ಏನು?"

"ಈ ವರ್ಷ ನಿನ್ ಕಡೆಯಿಂದ ನಮ್ ಮಗು ಎಷ್ಟನೇದು?"

ಮೋಹನ್‌ಬಾಬು ಉಪ್ಪಿಟ್ಟಿನಲ್ಲಿ ಕರಿಬೇವು ಹುಡುಕುತ್ತಾ, "ಅದು ಆಫೀಸ್ನೋರು ಸುಮ್ನೆ ಮಾತಿಗೆ ಅಂದಿದ್ದಮ್ಮ, ಸಂಬಂಧಿಕರು ಅಂತ ನಾನೂ ಸಹಾಯ..." ಎಂದರು. ಆ ಮಾತನ್ನು ಮುಗಿಸಿಕೊಡಲು ಚನ್ನಕೇಶವರು ಮುಂದಾಗಲಿಲ್ಲ.

ಫೋನು ಟಿಣ್ಣೆಂದಿತು.

ಚನ್ನಕೇಶವರು ಅದನ್ನು ನೋಡಿದರು, ಹೆಂಡತಿಯನ್ನು ನೋಡಿದರು. "ಜನ ಏನಂತಾರೆ?" ಎಂದರು.

"ಡೇರೀಲಿ ಹಾಲಿಗೆ ನೀರು ಹಾಕ್ದೋರ್ನ ಏನಂತಾರೋ ಅದೇ ಅಂತಾರೆ," ಎಂದಳು ಅಕ್ಕಯಮ್ಮ, ಬೆಳ್ಳುಳ್ಳಿಯಿಂದ ಕಣ್ಣೆತ್ತದೆ. "ಅದೇನ್ ಬಂತೋ ಚದುವು ರಾ."

ಮುನಿಲಕ್ಷ್ಮಿ ಫೋನಿಗೆ ಕೈಚಾಚಿದಳು. ಅವರು ಕೊಡಲಿಲ್ಲ. ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಡೇರಿಯಲ್ಲಿ ಹಾಲಿನ ಫ್ಯಾಟು ಅಳೆದು ಕೂಗುವ ದನಿಯಲ್ಲಿ ಅಂಕಿಗಳನ್ನು ಒಂದೊಂದಾಗಿ ತಾವೇ ಕೂಗಿ ಹೇಳಿದರು. ಮಗಳಿಗೆ ಸೀಟು ಕೊಟ್ಟವರು ಕೊನೆಗೂ ತಾವೇ ಎಂಬ ಸಮಾಧಾನ ಅದರಲ್ಲಿತ್ತು. ಕಲ್ಯಾಣಿ ಒತ್ತಿದಳು. ಪರದೆಯ ಮೇಲೆ ಒಂದನೆಯ ಆಯ್ಕೆ ದಾಖಲಾಗಿದೆ, ಶುಲ್ಕ ಕಟ್ಟಿ, ಪ್ರವೇಶ ಪತ್ರ ಇಳಿಸಿಕೊಂಡು ಕಾಲೇಜಿಗೆ ಹಾಜರಾಗಿ ಎಂದು ಬಂತು.

ಅವಳು ಲ್ಯಾಪ್‌ಟಾಪ್ ಮುಚ್ಚಿ ಹೊರಗೆ ಬಂದಳು. ಯಾರನ್ನೂ ನೋಡಲಿಲ್ಲ. ಶುಲ್ಕ ಕಟ್ಟಬೇಕು ಎಂದಷ್ಟೇ ಅಮ್ಮನಿಗೆ ಹೇಳಿದಳು. ಮೋಹನ್‌ಬಾಬು ತಟ್ಟೆ ಕೆಳಗಿಟ್ಟು, ಹೋದ ಮರ್ಯಾದೆಯನ್ನು ಒಂದು ತಮಾಷೆಯಿಂದ ವಾಪಸು ತರಬಹುದೇ ಎಂದು ನೋಡಿದರು.

"ಅಲ್ಲಮ್ಮ ಕಲ್ಯಾಣಿ, ಎಲೆಕ್ಟ್ರಾನಿಕ್ಸ್ ಅಂದ್ರೆ ನಾಳೆ ನಮ್ಮನೇ ಮಿಕ್ಸಿ ಕೆಟ್ರೆ ನೀನೇ ರಿಪೇರಿ ಮಾಡ್ಕೊಡ್ತೀಯ ಅನ್ನು?"

"ಇಲ್ಲ ಮಾವ. ನಿಮ್ಮನೇದು ಮಾಡಲ್ಲ."