ಮಾವ ಸಾಲಾಗಿ ಜೋಡಿಸಿಟ್ಟ ನಂಬರುಗಳು

ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನಲ್ಲಿ ಮುಂದಿನ ಮೇಜಿನಲ್ಲಿ ಕೂತು ರೋಗಿಗಳ ಸರದಿ ಬರೆಯುವವಳು ಅವಳು. ಯಾರ ಹಲ್ಲು ಯಾವತ್ತು ಕೀಳಬೇಕು, ಯಾರು ಬರುತ್ತೇನೆಂದು ಹೇಳಿ ಮೂರು ಸಲ ಕೈಕೊಟ್ಟಿದ್ದಾರೆ ಎಂಬುದೆಲ್ಲ ಅವಳ ಬೆರಳ ತುದಿಯಲ್ಲಿ. ಮನೆಯಲ್ಲಿ ಮಾತ್ರ ಅತ್ತೆ ಅವಳಿಗೆ 'ಪಟ್ಟಿ' ಎಂದು ಹೆಸರಿಟ್ಟಿದ್ದರು. ತರಕಾರಿಗೆ ಒಂದು ಪಟ್ಟಿ, ಮಗುವಿನ ಚುಚ್ಚುಮದ್ದಿಗೆ ಒಂದು ಪಟ್ಟಿ, ಪಟ್ಟಿಗಳೆಲ್ಲ ಎಲ್ಲಿವೆ ಎನ್ನುವುದಕ್ಕೆ ಮತ್ತೊಂದು ಪಟ್ಟಿ.

ಈ ಪಟ್ಟಿಯ ರೋಗ ಸುಮ್ಮನೆ ಅಂಟಿಕೊಂಡದ್ದಲ್ಲ. ಎರಡೂವರೆ ವರ್ಷದ ಮಗಳು ಪುಟ್ಟಿಗೆ ಆಗಾಗ ಉಬ್ಬಸ. ಕಳೆದ ವರ್ಷ ನೆಂಟರ ಊರಿಗೆ ಹೋಗಿದ್ದಾಗ ಮಗುವಿನ ಎದೆ ಗೊರಗೊರ ಎನ್ನತೊಡಗಿ, ಗೊತ್ತಿಲ್ಲದ ಬೀದಿಗಳಲ್ಲಿ ಆಸ್ಪತ್ರೆ ಹುಡುಕುತ್ತ ಅವಳು ಮುಕ್ಕಾಲು ಗಂಟೆ ಅಲೆದಿದ್ದಳು. ಆವತ್ತಿನಿಂದ ಪ್ರಯಾಣ ಎಂದರೆ ಅವಳು ಮೊದಲು ಹುಡುಕುವುದು ಅಲ್ಲಿ ಆಸ್ಪತ್ರೆ ಎಲ್ಲಿದೆ ಎಂದು. ಈಗ ಅತ್ತೆ ಮಾವನಿಗೆ ಮದುವೆಯಾಗಿ ನಲವತ್ತು ವರ್ಷ ತುಂಬಿತೆಂದು ಗಂಡ ಎಲ್ಲರೂ ಒಂದು ದ್ವೀಪಕ್ಕೆ ಹೋಗೋಣವೆಂದಾಗ ಅವಳು ಬೇಡ ಎನ್ನಲಿಲ್ಲ. ಮಗುವಿನ ಡಾಕ್ಟರೂ ಹೋಗಬಹುದು ಎಂದರು. "ಹತ್ತಿರದ ಆಸ್ಪತ್ರೆಯ ನಂಬರ್ ಮಾತ್ರ ಕೈಯಲ್ಲಿರಲಿ" ಎಂದೂ ಸೇರಿಸಿದರು. ಅಷ್ಟು ಸಾಕಾಯಿತು. ಅವಳು ಕಂಪ್ಯೂಟರ್ ಮುಂದೆ ಕೂತಳು.

ಹದಿನೈದು ದಿನದಲ್ಲಿ ಮನೆಯವರೆಲ್ಲ ತಮ್ಮ ತಮ್ಮ ಫೋನಿನಲ್ಲೇ ನೋಡಬಹುದಾದ, ತಿದ್ದಬಹುದಾದ ಒಂದು ಆನ್‌ಲೈನ್ ಹಾಳೆ ತಯಾರಾಯಿತು. ಮೊದಲ ಪುಟದಲ್ಲಿ ದಿನ, ಹೊತ್ತು, ಟ್ಯಾಕ್ಸಿ, ರೈಲು, ಬೋಟು, ತಂಗುವ ಮನೆ, ಮತ್ತೆ ವಾಪಸ್ ಬೋಟು, ರೈಲು, ಟ್ಯಾಕ್ಸಿ. ಪ್ರತಿಯೊಂದರ ಎದುರು ಬುಕಿಂಗ್ ನಂಬರು. ಎರಡನೇ ಪುಟದಲ್ಲಿ ತುರ್ತಿಗೆ ಬೇಕಾದವರ ಫೋನುಗಳು: ಮಗುವಿನ ಡಾಕ್ಟರು, ಟ್ಯಾಕ್ಸಿಯವನು, ದ್ವೀಪದ ಆಸ್ಪತ್ರೆ, ತಂಗುವ ಮನೆಯ ಯಜಮಾನ, ಮನೆಯ ಬೀಗದ ಕೈ ಇಟ್ಟುಕೊಂಡ ಪಕ್ಕದ ಮನೆಯಾಕೆ. ಮಗುವಿನ ತೂಕ, ಔಷಧಿಯ ಹೆಸರು, ಎಷ್ಟು ಹೊತ್ತಿಗೊಮ್ಮೆ ಎನ್ನುವುದನ್ನೂ ಬರೆದಳು.

"ಇದು ಪ್ರಯಾಣದ ಪಟ್ಟಿಯೋ, ಜಾತಕವೋ?" ಅಂದರು ಅತ್ತೆ.

"ಅತ್ತೆ, ನಾನಿಲ್ಲದೇ ಇದ್ರೂ ನಿಮಗೆ ಎಲ್ಲಾ ಸಿಗ್ಬೇಕಲ್ವಾ?"

"ನೀನೆಲ್ಲಿ ಹೋಗ್ತೀಯಮ್ಮಾ, ನಮ್ಮ ಜೊತೇನೇ ಬರ್ತೀಯಲ್ಲ."

ಮಾವನಿಗೆ ಮಾತ್ರ ಈ ಹಾಳೆ ಕಂಡು ಬಹಳ ಖುಷಿಯಾಯಿತು. ಅವರು ಬಸ್ಸಿನ ಡಿಪೋದಲ್ಲಿ ಮೂವತ್ತೊಂದು ವರ್ಷ ಸ್ಟೋರ್ ಕೀಪರ್ ಆಗಿದ್ದವರು. ನಟ್ಟು, ಬೋಲ್ಟು, ಬೇರಿಂಗು, ಪ್ರತಿಯೊಂದಕ್ಕೂ ನಂಬರು, ಪ್ರತಿ ನಂಬರಿಗೂ ರ್‍ಯಾಕಿನಲ್ಲಿ ಜಾಗ. ನಿವೃತ್ತರಾದ ಮೇಲೂ ಅಡುಗೆಮನೆಯ ಡಬ್ಬಿಗಳನ್ನು ಎತ್ತರದ ಪ್ರಕಾರ ನಿಲ್ಲಿಸಿ ಅತ್ತೆಯಿಂದ ಬೈಸಿಕೊಳ್ಳುತ್ತಿದ್ದರು. ಈ ಮನೆಯಲ್ಲಿ ಅವರ ಭಾಷೆ ಆಡುವ ಒಬ್ಬಳಾದರೂ ಇದ್ದಾಳೆ ಎಂದು ಅವರಿಗೆ ಸಮಾಧಾನ.

ಹೊರಡುವ ಹಿಂದಿನ ದಿನ ಸಂಜೆ ಅವಳು ಹಾಳೆಯ ಪ್ರತಿಯನ್ನು ಪಿಡಿಎಫ್ ಮಾಡಿ ನಾಲ್ಕೂ ಫೋನಿಗೆ ಇಳಿಸಿದಳು. ನೆಟ್‌ವರ್ಕ್ ಇಲ್ಲದಿದ್ದರೂ ತೆರೆಯುತ್ತದೋ ಎಂದು ಒಂದೊಂದನ್ನೂ ವಿಮಾನದ ಗುರುತು ಒತ್ತಿ ಪರೀಕ್ಷಿಸಿದಳು. ಕಾಗದದ ಮೇಲೂ ಒಂದು ಪ್ರತಿ ಮುದ್ರಿಸಿ, ಪ್ಲಾಸ್ಟಿಕ್ ಕವರಿಗೆ ಹಾಕಿ, ಮಗುವಿನ ಚೀಲದ ಜೇಬಿಗೆ ತುರುಕಿದಳು. ತೆರೆಯುತ್ತದೋ ಎಂದು ನೋಡಿದಳೇ ಹೊರತು ಒಳಗೇನಿದೆ ಎಂದು ಓದಲಿಲ್ಲ. ತಾನೇ ಬರೆದದ್ದನ್ನು ಏನು ಓದುವುದು?

ಬೆಳಗ್ಗೆ ಆರೂವರೆಗೆ ಟ್ಯಾಕ್ಸಿ ಬರಬೇಕಿತ್ತು. ಆರು ಮೂವತ್ತೈದಾದರೂ ಬರಲಿಲ್ಲ. ಗಂಡ ಪಟ್ಟಿ ತೆರೆದು ಟ್ಯಾಕ್ಸಿಯವನ ಎದುರಿನ ನಂಬರ್ ಒತ್ತಿದ.

"ಎಲ್ಲಿದ್ದೀರಾ? ನಾವು ಗೇಟ್ ಹತ್ರ ನಿಂತಿದ್ದೀವಿ," ಎಂದವನು ಮರುಕ್ಷಣವೇ ಬಿಳುಚಿಕೊಂಡ. "ಇಲ್ಲ ಡಾಕ್ಟ್ರೇ. ಉಬ್ಬಸ ಇಲ್ಲ ಡಾಕ್ಟ್ರೇ. ಚೆನ್ನಾಗಿದ್ದಾಳೆ. ಮಲಗಿ ಡಾಕ್ಟ್ರೇ."

"ಮಗುವಿನ ಡಾಕ್ಟರಿಗೆ ಮಾಡಿದ್ರಾ? ನಿಮ್ಮ ಫೋನಿನಲ್ಲಿ ಹೆಸರು ಬರಲಿಲ್ವಾ?" ಎಂದಳು ಅವಳು.

"ಅವರ ನಂಬರ್ ನನ್ನ ಹತ್ರ ಇಲ್ಲ."

"ಎರಡೂವರೆ ವರ್ಷದಿಂದ ಡಾಕ್ಟರ ನಂಬರ್ ಇಟ್ಕೊಂಡಿಲ್ವಾ? ಕ್ರಿಕೆಟ್ ಟೀಮಿನ ಹನ್ನೊಂದು ಜನರದ್ದೂ ಇದೆ."

"ಹನ್ನೆರಡು," ಅಂದರು ಅತ್ತೆ. "ಒಬ್ಬ ಎಕ್ಸ್ಟ್ರಾ."

ಜಗಳ ಸುಗಮವಾಗಿ ಸಾಗುತ್ತಿದ್ದಾಗ ಟ್ಯಾಕ್ಸಿ ತಾನಾಗಿಯೇ ಬಂದು ನಿಂತಿತು. ಗಂಡ ಯಾವುದೋ ತಪ್ಪು ಸಾಲು ಒತ್ತಿದನೆಂದು ಅವಳು ತೀರ್ಮಾನಿಸಿದಳು. ಗಂಡನೂ ಹಾಗೇ ಎಂದುಕೊಂಡ. ತಪ್ಪು ತನ್ನದೇ ಇರಬೇಕೆಂದು ಒಪ್ಪಿಕೊಳ್ಳುವುದು ಮದುವೆಯಾದ ಮೇಲೆ ಅವನಿಗೆ ರೂಢಿಯಾಗಿತ್ತು. ರೈಲಿನಲ್ಲಿ ಟಿಕೆಟ್ ನೋಡುವವನು ಬುಕಿಂಗ್ ನಂಬರ್ ಕೇಳಲಿಲ್ಲ, ಗುರುತಿನ ಚೀಟಿ ನೋಡಿ ತನ್ನ ಪಟ್ಟಿಯಲ್ಲಿ ಗೆರೆ ಎಳೆದು ಹೋದ.

ಮಧ್ಯಾಹ್ನ ಎರಡು ಗಂಟೆಗೆ ದೋಣಿಕಟ್ಟೆ. ಎರಡೂವರೆಗೆ ಆ ದಿನದ ಕೊನೆಯ ಬೋಟು. ಕಟ್ಟೆಯಲ್ಲಿ ತಂಗುವುದಕ್ಕೆ ತಗಡಿನ ಮಾಡು, ನಾಲ್ಕು ಬೆಂಚು, ಸಿಕ್ಕಾಪಟ್ಟೆ ಗಾಳಿ. ನೆಟ್‌ವರ್ಕ್ ಸೊನ್ನೆ. ಬೋಟು ತಪ್ಪಿದರೆ ಇಂಥ ಗಾಳಿಯಲ್ಲಿ ಮಗುವನ್ನಿಟ್ಟುಕೊಂಡು ಬೆಳಗಿನವರೆಗೆ ಕೂರಬೇಕು. ಅವಳು ಪುಟ್ಟಿಯ ಟೋಪಿಯನ್ನು ಕಿವಿಯ ಕೆಳಗೆ ಎಳೆದು, ಕೌಂಟರಿನಲ್ಲಿ ಬೋಟಿನ ಸಾಲಿನಲ್ಲಿದ್ದ ನಂಬರನ್ನು ಗಟ್ಟಿಯಾಗಿ ಓದಿದಳು.

ಕೌಂಟರಿನವನು ತಲೆ ಅಲ್ಲಾಡಿಸಿದ. "ಇದು ನಮ್ಮ ನಂಬರಲ್ಲ ಮೇಡಂ."

"ಸರಿಯಾಗಿ ನೋಡಿ."

"ನಮ್ಮದಕ್ಕೆ ಆರೇ ಅಂಕಿ. ಏಳರಿಂದ ಶುರುವಾಗುತ್ತೆ. ನೀವು ಹೇಳಿದ್ದರಲ್ಲಿ ಹತ್ತಿದೆ."

"ನನ್ನ ಹೆಸರಿಗೆ ನೋಡಿ."

"ಹೆಸರು ನಮಗೆ ಕಳಿಸಲ್ಲ. ನಂಬರು, ಎಷ್ಟು ಜನ, ಅಷ್ಟೇ. ಇವತ್ತಿನ ಬೋಟು ತುಂಬಿದೆ, ಹೊಸ ಟಿಕೆಟ್ಟೂ ಇಲ್ಲ."

ಅವಳು ತನ್ನ ಫೋನಿನ ಪ್ರತಿ ನೋಡಿದಳು. ಗಂಡನದನ್ನು ಕಿತ್ತುಕೊಂಡು ನೋಡಿದಳು. ಪ್ಲಾಸ್ಟಿಕ್ ಕವರಿನಿಂದ ಕಾಗದ ಹೊರಗೆಳೆದಳು. ಮೂರರಲ್ಲೂ ಅದೇ ಹತ್ತಂಕಿ. ಬುಕಿಂಗ್ ಬಂದ ಈಮೇಲ್ ತೆರೆಯೋಣವೆಂದರೆ ಚಕ್ರ ತಿರುಗಿದ್ದೇ ತಿರುಗಿದ್ದು. ಎಷ್ಟು ಪ್ರತಿ ಇಟ್ಟರೇನು, ಒಂದೇ ತಪ್ಪಿಗೆ ಐದು ಕಡೆ ಮನೆ ಕಟ್ಟಿಕೊಟ್ಟಂತಾಗಿತ್ತು. ಹಿಂದೆ ನಿಂತ ಸಾಲು ಗೊಣಗತೊಡಗಿತು.

ಆಗ ಮಾವ ಕನ್ನಡಕ ಸರಿಮಾಡಿಕೊಂಡು ಅವಳ ಭುಜದ ಮೇಲಿಂದ ಬಗ್ಗಿದರು. "ಯಾಕಮ್ಮಾ, ಎಲ್ಲಾ ಕ್ರಮವಾಗೇ ಇದೆಯಲ್ಲ. ನಾನೇ ಜೋಡಿಸಿದ್ದು."

"ಏನು ಜೋಡಿಸಿದ್ದು, ಮಾವ?"

"ಮಂಗಳವಾರ ನೀನು ಕ್ಲಿನಿಕ್ಕಿಗೆ ಹೋಗಿದ್ದೆ. ನಂಬರುಗಳು ದೊಡ್ಡದು ಮೇಲೆ, ಚಿಕ್ಕದು ಕೆಳಗೆ, ಎಲ್ಲಾ ಚೆಲ್ಲಾಪಿಲ್ಲಿ. ಆ ಕಾಲಂ ಪೂರ್ತಿ ಗುರುತು ಮಾಡಿ ವಿಂಗಡಿಸು ಅಂತ ಒತ್ತಿದೆ. ಎಷ್ಟು ಚಂದ ಕೂತವು. ಫೋನ್ ನಂಬರಿನ ಪುಟಕ್ಕೂ ಮಾಡಿಟ್ಟೆ."

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಮಾತನ್ನು ಅವಳು ಶಾಲೆಯಲ್ಲಿ ಹತ್ತು ಅಂಕದ ಪ್ರಬಂಧಕ್ಕೆಂದು ಬರೆದಿದ್ದಳು. ಈಗ ದೊಣ್ಣೆ ಹಿಡಿದವರು ಪಕ್ಕದಲ್ಲೇ ನಿಂತು ಶಹಬ್ಬಾಸ್‌ಗೆ ಕಾಯುತ್ತಿದ್ದರು.

"ಬರೀ ನಂಬರಿನ ಕಾಲಂ ಮಾತ್ರ ವಿಂಗಡಿಸಿದ್ರಾ? ಪಕ್ಕದ ಹೆಸರುಗಳು?"

"ಅವು ಇದ್ದಲ್ಲೇ ಇವೆ. ಅವನ್ನ್ಯಾಕೆ ಮುಟ್ಟಲಿ, ನಿನ್ನ ಕೆಲಸ ಅದು."

"ಅಂದ್ರೆ ಬೆಳಗ್ಗೆ ನನ್ನದು ತಪ್ಪಿರಲಿಲ್ಲ," ಅಂದ ಗಂಡ ನಿಧಾನಕ್ಕೆ. ಹೆಂಡತಿಯ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದ.

ಅತ್ತೆ ಮಾವನತ್ತ ತಿರುಗಿದರು. "ಡಬ್ಬಿ ಸಾಲದು ಅಂತ ಈಗ ಇದಕ್ಕೂ ಕೈ ಹಾಕಿದ್ರಾ? ಬೇರಿಂಗಿನ ಚೀಟಿ ತೆಗೆದು ನಟ್ಟಿನ ಡಬ್ಬಿಗೆ ಅಂಟಿಸಿದ ಹಾಗಾಯ್ತಲ್ರೀ."

ಮಾವ ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು. ಇಷ್ಟು ಹೊತ್ತು ಅರ್ಥವಾಗದ್ದು ಈ ಒಂದು ಮಾತಿನಿಂದ ಅವರೊಳಗೆ ಧಸಕ್ಕೆಂದು ಇಳಿದಂತಿತ್ತು.

ಬೈಯಲು ಪುರುಸೊತ್ತಿರಲಿಲ್ಲ. ಅವಳು ಕಾಗದದ ಮೇಲೆ ಬೆರಳಾಡಿಸಿದಳು. ಆರಂಕಿಯದು, ಏಳರಿಂದ ಶುರುವಾಗುವುದು. ಎರಡಿದ್ದವು. ಒಂದು ಬೆಳಗಿನ ಟ್ಯಾಕ್ಸಿಯ ಎದುರು ಕೂತಿತ್ತು, ಮತ್ತೊಂದು ರೈಲಿನ ಎದುರು. ಮೊದಲನೆಯದನ್ನು ಓದಿದಳು.

"ಇವತ್ತಿನ ಪಟ್ಟಿಯಲ್ಲಿ ಇಲ್ಲ."

ಅದು ವಾಪಸ್ ಬೋಟಿನದಿರಬೇಕು. ಎರಡನೆಯದನ್ನು ಒಂದೊಂದೇ ಅಂಕಿ ಬಿಡಿಸಿ ಓದಿದಳು.

"ನಾಲ್ಕು ದೊಡ್ಡವರು, ಒಂದು ಮಗು. ಬೇಗ ಹತ್ತಿ."

ಬೋಟಿನಲ್ಲಿ ಮಾವ ಯಾರ ಪಕ್ಕದಲ್ಲೂ ಕೂರಲಿಲ್ಲ. ಸಾಮಾನಿನ ಬಳಿ ಹೋಗಿ, ಐದು ಚೀಲಗಳ ಮಧ್ಯೆ ಆರನೆಯದರಂತೆ ಕೂತರು. ಅವಳಿಗೆ ಪಾಪ ಅನ್ನಿಸಿತು. ಆದರೆ ಆಸ್ಪತ್ರೆ ಎಂದು ಬರೆದ ಕಡೆ ಈಗ ಯಾರ ನಂಬರಿದೆಯೋ ಎಂದು ನೆನೆದೊಡನೆ ಆ ಪಾಪ ಆವಿಯಾಯಿತು.

ತಂಗುವ ಮನೆ ಸೇರಿ ವೈಫೈ ಸಿಕ್ಕ ಕೂಡಲೇ ಅವಳು ಲ್ಯಾಪ್‌ಟಾಪ್ ತೆರೆದಳು. ಹಾಳೆಯ ಹಿಂದಿನ ರೂಪಗಳೆಲ್ಲ ದಿನ, ಹೊತ್ತಿನ ಸಮೇತ ಉಳಿದಿರುತ್ತವೆ ಎಂದು ಅವಳಿಗೆ ಗೊತ್ತಿತ್ತು. ಮಂಗಳವಾರ ಮೂರು ಇಪ್ಪತ್ತು, ಎದುರಿಗೆ ಮಾವನ ಹೆಸರು. ಅದಕ್ಕೂ ಹಿಂದಿನದನ್ನು ವಾಪಸ್ ತಂದಳು. ಬುಧವಾರ ತಾನು ಸೇರಿಸಿದ್ದ ಎರಡು ಸಾಲು ಅದರೊಟ್ಟಿಗೆ ಹಾರಿಹೋದವು. ಅವನ್ನು ಮತ್ತೆ ಬರೆದಳು. ನಂಬರುಗಳು ತಮ್ಮ ತಮ್ಮ ಮನೆ ಸೇರಿದವು. ಆಮೇಲೆ ಯಾರಿಗೂ ಹೇಳದೆ, ಯಾರ್‍ಯಾರು ತಿದ್ದಬಹುದು ಎಂಬ ಪಟ್ಟಿ ತೆರೆದು, ಮಾವನ ಹೆಸರಿನ ಮುಂದೆ 'ನೋಡಬಹುದು, ಅಷ್ಟೇ' ಎಂದು ಬದಲಾಯಿಸಿದಳು.

ಮಾವ ಬಾಗಿಲ ಬಳಿ ಬಂದು ನಿಂತರು. "ಎಲ್ಲಾ ಸರಿಹೋಯ್ತಾ?"

"ಹೂಂ ಮಾವ. ಆಸ್ಪತ್ರೆ ನಂಬರೂ ಸಿಕ್ತು."

"ಅದಕ್ಕೆ ಒಂದು ಸಲ ಫೋನ್ ಮಾಡಿ ನೋಡಿದ್ದೀಯಾ?"

ಅವಳು ಇಂಟರ್ನೆಟ್ಟಿನಲ್ಲಿ ಕಂಡದ್ದನ್ನು ಎರಡು ಸಲ ಹೋಲಿಸಿ ಬರೆದುಕೊಂಡಿದ್ದಳು. ಫೋನ್ ಮಾಡಿರಲಿಲ್ಲ.

"ಪುಸ್ತಕದಲ್ಲಿ ಸ್ಟಾಕ್ ಇದ್ರೆ ಸಾಲದಮ್ಮಾ. ರ್‍ಯಾಕಿಗೆ ಹೋಗಿ ಮುಟ್ಟಿ ನೋಡ್ಬೇಕು," ಎಂದು ಅವರು ತಮ್ಮ ಫೋನಿನಲ್ಲಿ ಹಾಳೆ ತೆರೆದು, ನಂಬರ್ ಒತ್ತಿ, ಸ್ಪೀಕರ್ ಹಾಕಿದರು. ಈ ನಂಬರ್ ಚಾಲ್ತಿಯಲ್ಲಿಲ್ಲ ಎಂದಿತು ಒಂದು ಹೆಣ್ಣುದನಿ. ಇನ್ನೊಮ್ಮೆ ಒತ್ತಿದರು. ಅದು ಮತ್ತೆ ಅದನ್ನೇ ಅಂದಿತು.

ಅವಳ ಕೈ ತಾನಾಗಿಯೇ ಪುಟ್ಟಿಯ ಬೆನ್ನ ಮೇಲೆ ಹೋಯಿತು. ಹದಿನೈದು ದಿನ, ಐದು ಪ್ರತಿ, ಯಾರೂ ಮುಟ್ಟದಿದ್ದರೂ ಆ ಒಂದು ಸಾಲು ಮೊದಲಿಂದಲೂ ಸತ್ತೇ ಇತ್ತು.

ಮಾವ ಆಗಲೇ ಮೆಟ್ಟಿಲಿಳಿದಿದ್ದರು. ಇಪ್ಪತ್ತು ನಿಮಿಷ ಬಿಟ್ಟು ಬಂದಾಗ ಅಂಗೈ ಮೇಲೆ ಪೆನ್ನಿನಲ್ಲಿ ಹೊಸ ನಂಬರ್ ಬರೆದುಕೊಂಡಿದ್ದರು. "ಆಸ್ಪತ್ರೆ ಜಾಗ ಬದಲಾಯಿಸಿ ವರ್ಷ ಆಯ್ತಂತೆ. ಯಜಮಾನರಿಂದ ನಂಬರ್ ತಗೊಂಡು ನರ್ಸಮ್ಮನ ಹತ್ರ ಮಾತಾಡ್ದೆ. ಉಬ್ಬಸಕ್ಕೆ ಆವಿ ಕೊಡೋ ಯಂತ್ರ ಇದೆ. ನಾನು 'ಇದೆ ಅಂದ್ರೆ ಓಡುತ್ತಾ' ಅಂದೆ. ಬೈದ್ಲು. ಆದ್ರೆ ಹೋಗಿ ಓಡಿಸಿ ನೋಡಿ ಬಂದು, ಓಡುತ್ತೆ ಅಂದ್ಲು."

ಅವರು ಫೋನಿನ ಮೇಲೆ ಬಗ್ಗಿ ಆಸ್ಪತ್ರೆಯ ಸಾಲನ್ನು ಒತ್ತಿದರು. ಮತ್ತೆ ಒತ್ತಿದರು. "ಇದ್ಯಾಕೋ ಬರೆಯೋಕೆ ಬಿಡ್ತಾ ಇಲ್ಲ."

ಅತ್ತೆ ಮಾವನನ್ನು ನೋಡಲಿಲ್ಲ, ಸೊಸೆಯನ್ನು ನೋಡಿದರು. ಸೊಸೆಯ ಕಿವಿ ಕೆಂಪಾಯಿತು.

"ವೈಫೈ ಇರ್ಬೇಕು ಮಾವ, ಒಂದು ನಿಮಿಷ," ಎಂದು ಅವಳು ಲ್ಯಾಪ್‌ಟಾಪನ್ನು ತನ್ನತ್ತ ತಿರುಗಿಸಿಕೊಂಡು, ಮಾವನ ಹೆಸರಿನ ಮುಂದಿದ್ದುದನ್ನು ಮತ್ತೆ 'ತಿದ್ದಬಹುದು' ಎಂದು ಮಾಡಿದಳು. "ಈಗ ನೋಡಿ."

ಮಾವ ತೋರುಬೆರಳೊಂದರಿಂದಲೇ, ಪ್ರತಿ ಅಂಕಿಯನ್ನೂ ಬಾಯಿಬಿಟ್ಟು ಹೇಳುತ್ತ ಹೊಸ ನಂಬರ್ ತುಂಬಿದರು. ಅವಳು ಅದನ್ನು ಅಂಗೈಯ ನಂಬರಿನೊಂದಿಗೆ ಹೋಲಿಸಿ ನೋಡಿ, ಪ್ರತಿಗಳನ್ನು ಹೊಸದಾಗಿ ಇಳಿಸಲು ಎಲ್ಲರ ಫೋನುಗಳನ್ನೂ ಮುಂದೆ ಹರಡಿಕೊಂಡಳು.

"ಇನ್ನೇನಾದ್ರೂ ಜೋಡಿಸಿ ಕೊಡ್ಲೇನಮ್ಮಾ?" ಅಂದರು ಮಾವ, ಕೈ ಒರೆಸಿಕೊಳ್ಳುತ್ತ.

"ಬೇಡ," ಅಂದರು ಮೂವರೂ ಒಂದೇ ದನಿಯಲ್ಲಿ.