ಊಟದ ಹೊತ್ತಿಗೆ ಏರುವ ಗೆರೆ

ಗೊಲ್ಲಾಳಪ್ಪನವರ ಹುದ್ದೆಯ ಹೆಸರು ಉದ್ದ: ಜಿಲ್ಲಾ ಶೀತಲ ಸರಪಳಿ ತಂತ್ರಜ್ಞ. ಸರಳವಾಗಿ ಹೇಳಬೇಕೆಂದರೆ, ನಾಶಿಕ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಲಸಿಕೆ ಇಡುವ ಫ್ರಿಜ್ಜುಗಳ ರಿಪೇರಿಯವರು. ಅಪ್ಪ ಅವ್ವ ಸಿಂದಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಮಗ ಐಟಿಐ ಮುಗಿಸಿ, ಹತ್ತು ವರ್ಷ ದೇವಳಾಲಿ ಕ್ಯಾಂಪಿನಲ್ಲಿ ಮಂದಿಯ ಮನೆಯ ಫ್ರಿಜ್ಜುಗಳ ಹೊಟ್ಟೆ ಬಿಚ್ಚಿ, ಕಡೆಗೆ ಸರ್ಕಾರದ ಗುತ್ತಿಗೆಗೆ ಸೇರಿದರು. ಗುತ್ತಿಗೆ ಹನ್ನೊಂದು ತಿಂಗಳದ್ದು. ಹನ್ನೆರಡನೆಯ ತಿಂಗಳು ಬಂದರೆ ಮನುಷ್ಯ ಕಾಯಂ ಆಗಿಬಿಡುತ್ತಾನೆಂಬ ಭಯ ಸರ್ಕಾರಕ್ಕೆ. ಆದ್ದರಿಂದ ಪ್ರತಿ ವರ್ಷ ಒಂದೆರಡು ದಿನ ಅವರು ನಿರುದ್ಯೋಗಿಯಾಗುತ್ತಿದ್ದರು. ಫ್ರಿಜ್ಜುಗಳು ಮಾತ್ರ ಆ ದಿನಗಳನ್ನೇ ನೋಡಿ ಕೆಡುತ್ತಿದ್ದವು.

ಲಸಿಕೆಯ ನಿಯಮ ಒಂದೇ ಸಾಲಿನದು. ಎರಡು ಡಿಗ್ರಿಗಿಂತ ಕೆಳಗೆ ಇಳಿಯಬಾರದು, ಎಂಟಕ್ಕಿಂತ ಮೇಲೆ ಏರಬಾರದು. ಇದಕ್ಕೆಂದೇ ಪ್ರತಿ ಕೇಂದ್ರದಲ್ಲಿ ಐಎಲ್ಆರ್ ಎಂಬ ಪೆಟ್ಟಿಗೆ ಇರುತ್ತದೆ. ಬಾಗಿಲು ಮೇಲ್ಗಡೆ, ಗೋಡೆಯೊಳಗೆ ಮಂಜುಗಡ್ಡೆಯ ಪದರ. ಕರೆಂಟು ಹೋದರೂ ತಾಸುಗಟ್ಟಲೆ ತಂಪು ಹಿಡಿದಿಡುತ್ತದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ರವಿವಾರವೂ ಬಿಡದೆ ಅದರ ತಾಪಮಾನ ನೋಡಿ ರಜಿಸ್ಟರಿನಲ್ಲಿ ಬರೆಯಬೇಕು. ಬರೆಯುತ್ತಿದ್ದರು ಕೂಡ. ನೋಡುತ್ತಿದ್ದರೋ ಇಲ್ಲವೋ ಎಂದು ಕೇಳುವ ಕಾಲಂ ರಜಿಸ್ಟರಿನಲ್ಲಿ ಇರಲಿಲ್ಲ.

ಆಮೇಲೆ ಯಂತ್ರ ಬಂತು. ಪೆಟ್ಟಿಗೆಯೊಳಗೆ ವಯರಿನ ತುದಿಯಲ್ಲೊಂದು ಸೆನ್ಸರ್, ಹೊರಗೆ ಸಿಮ್ ಹಾಕಿದ ಡಬ್ಬಿ. ಹತ್ತು ನಿಮಿಷಕ್ಕೊಮ್ಮೆ ತಾಪಮಾನ ತಾನೇ ದಾಖಲಾಗುತ್ತದೆ. ಎಂಟು ದಾಟಿ ನಿಂತರೆ ಕೆಂಪು ಬಾವುಟ. ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ ಒಂದು ತಾಸು ನಿಂತರೆ ನೀಲಿ ಬಾವುಟ, ಜೊತೆಗೆ ವೈದ್ಯಾಧಿಕಾರಿಯಿಂದ ಹಿಡಿದು ರಾಜ್ಯದ ಕಚೇರಿಯವರೆಗೆ ಎಲ್ಲರ ಮೊಬೈಲಿಗೂ ಸಂದೇಶ. ಪ್ರತಿದಿನ ಹತ್ತು ಗಂಟೆಗೆ ಜಿಲ್ಲಾ ಲಸಿಕೆ ಉಗ್ರಾಣದ ಜ್ಯೋತ್ಸ್ನಾ ಇದನ್ನೆಲ್ಲ ಕೂಡಿಸಿ ದಿನದ ಪಾಲನಾ ವರದಿ ಕಳಿಸುತ್ತಿದ್ದಳು: ಯಾವ ಕೇಂದ್ರ, ಎಷ್ಟು ತಾಸು ಮಿತಿಯೊಳಗೆ, ಎಷ್ಟು ಬಾವುಟ, ಶೇಕಡಾ ಎಷ್ಟು.

ಜ್ಯೋತ್ಸ್ನಾ ಓಝರಿನ ವಿಮಾನ ಕಾರ್ಖಾನೆಯ ಕಾಲೊನಿಯಲ್ಲಿ ಬೆಳೆದ ಕನ್ನಡದ ಹುಡುಗಿ. ಕನ್ನಡ ಪೂರ್ತಿ ತಿಳಿಯುತ್ತಿತ್ತು, ಆಡುವಾಗ ಅರ್ಧ ದಾರಿಗೆ ಮರಾಠಿ ಬಂದು ಕೈಹಿಡಿಯುತ್ತಿತ್ತು.

೨೦೧೮ರ ಡಿಸೆಂಬರಿನಲ್ಲಿ, ಆಗಿನ್ನೂ ಔರಂಗಾಬಾದ್ ಆಗಿದ್ದ ಸಂಭಾಜಿನಗರದಲ್ಲಿ ದೊಡ್ಡದೊಂದು ಕಾರ್ಯಾಗಾರ ನಡೆಯಿತು. ಪಿಂಪಳಗಾಂವ್ ಬಸವಂತದ ಆಚೆಗಿನ ಒಂದು ಆರೋಗ್ಯ ಕೇಂದ್ರಕ್ಕೆ ಅಲ್ಲಿ ಸನ್ಮಾನ. ಹನ್ನೊಂದು ತಿಂಗಳು ಒಂದೂ ಬಾವುಟವಿಲ್ಲ, ನೂರಕ್ಕೆ ನೂರು ಪಾಲನೆ. ಕೇಂದ್ರದ ಔಷಧಿಗಾರ ಉಮಾನಾಥ ಶಾಲು ಹೊದ್ದು, ತೆಂಗಿನಕಾಯಿ ಹಿಡಿದು, "ನಿಷ್ಠೆ ಇದ್ದಲ್ಲಿ ತಾಪಮಾನ ತಾನಾಗಿಯೇ ನಿಲ್ಲುತ್ತದೆ" ಎಂದು ಭಾಷಣ ಮಾಡಿದ. ಭೌತಶಾಸ್ತ್ರಕ್ಕೆ ಇದು ಹೊಸ ವಿಷಯ. ಸಭೆ ಚಪ್ಪಾಳೆ ತಟ್ಟಿತು. ಈ ಕೇಂದ್ರದ ಮಾದರಿಯನ್ನು ಉಳಿದವರಿಗೂ ತೋರಿಸಬೇಕೆಂದು ತೀರ್ಮಾನವಾಗಿ, ಹೋಗಿ ಫೋಟೋ ತೆಗೆದು ಬರುವ ಕೆಲಸ ಗೊಲ್ಲಾಳಪ್ಪನವರ ಪಾಲಿಗೆ ಬಂತು.

ಹೊರಡುವ ಮುನ್ನ ಅವರು ಜ್ಯೋತ್ಸ್ನಾಳ ಕಂಪ್ಯೂಟರಿನಲ್ಲಿ ಆ ಕೇಂದ್ರದ ತಾಪಮಾನದ ಗೆರೆ ನೋಡಿದರು. ಬಾವುಟವಿಲ್ಲದ ಗೆರೆಯನ್ನು ನೋಡುವ ರೂಢಿ ಆ ಕಚೇರಿಯಲ್ಲಿ ಇರಲಿಲ್ಲ.

"ಯವ್ವಾ, ಇಲ್ಲಿ ನೋಡು. ದಿನಾ ಮಧ್ಯಾಹ್ನ ಒಂದೂವರಿಗೆ ಗೆರಿ ಏಳೂವರಿ ಡಿಗ್ರಿಗೆ ಏರತೈತಿ, ತಾಸಿನೊಳಗ ಇಳೀತೈತಿ. ಇದೇನು?"

"ಎಂಟರ ಒಳಗೇ ಆಹೇ ನಾ, ಕಾಕಾ. ಹಸಿರು."

"ಐಎಲ್ಆರ್ ಇಷ್ಟು ಲಗೂ ಏರಂಗಿಲ್ಲ, ಇಷ್ಟು ಲಗೂ ಇಳಿಯಂಗಿಲ್ಲ. ಅದು ಎಮ್ಮಿ ಇದ್ದಂಗ, ನಿಧಾನ. ಇದು ಬೆಕ್ಕಿನ ಕುಣಿತ ಐತಿ. ರವಿವಾರದ್ದು ತೆಗಿ."

ರವಿವಾರದ ಗೆರೆ ಮಲಗಿದಂತೆ ನೇರವಾಗಿತ್ತು.

ಜ್ಯೋತ್ಸ್ನಾ ಗೆರೆಯನ್ನೇ ನೋಡುತ್ತ ಮೆಲ್ಲಗೆ ಅಂದಳು, "ಕಾಕಾ, ರವಿವಾರ ಅಲ್ಲಿ ಯಾರೂ ಊಟದ ಡಬ್ಬಾ ತರೋದಿಲ್ಲ."

ಮಂಗಳವಾರ ಹನ್ನೊಂದಕ್ಕೆ ಗೊಲ್ಲಾಳಪ್ಪ ಕೇಂದ್ರ ತಲುಪಿದರು. ಉಮಾನಾಥ ಹೊಸ ಶಾಲಿನಲ್ಲೇ ಇದ್ದ. ಆ ಕೇಂದ್ರವಿದ್ದ ನಿಫಾಡ್ ಸೀಮೆಯಲ್ಲಿ ಆ ವಾರ ದ್ರಾಕ್ಷಿತೋಟದವರು ಬೆಳಗಿನ ಜಾವ ಬೆಂಕಿ ಹಾಕುವಷ್ಟು ಚಳಿ. ರಜಿಸ್ಟರಿನಲ್ಲಿ ಬೆಳಗಿನ ತಾಪಮಾನ ೪.೨, ಸಂಜೆಯದು ೪.೪. ಸಂಜೆ ಆಗಲು ಇನ್ನೂ ಐದಾರು ತಾಸು ಇತ್ತು, ಆದರೆ ನಿಷ್ಠೆ ಕಾಯುವುದಿಲ್ಲ. ಸೆನ್ಸರಿನ ವಯರು ಐಎಲ್ಆರ್ ಬೆನ್ನ ಹಿಂದೆ ಹೋಗಿ, ಕಿಟಕಿಯ ಅಂಚು ಹಿಡಿದು, ಪಕ್ಕದ ಸಿಬ್ಬಂದಿ ಕೋಣೆಗೆ ಹೊಕ್ಕಿತ್ತು. ಅಲ್ಲಿ ಚಹಾದ ಹಾಲು, ಮಜ್ಜಿಗೆ, ಡಬ್ಬಿಗಳು ಇಡುವ ಸಾಮಾನ್ಯ ಮನೆ ಫ್ರಿಜ್ಜು. ಸೆನ್ಸರ್ ಮೊಸರಿನ ಬೋಗುಣಿಗೂ ಶೇಂಗಾ ಚಟ್ನಿಗೂ ನಡುವೆ ಹಾಯಾಗಿ ಮಲಗಿತ್ತು. ಹನ್ನೊಂದು ತಿಂಗಳು ಆ ಚಟ್ನಿಗೆ ಸಿಕ್ಕ ರಕ್ಷಣೆ ಜಿಲ್ಲೆಯ ಯಾವ ಲಸಿಕೆಗೂ ಸಿಕ್ಕಿರಲಿಲ್ಲ. ಸನ್ಮಾನ ನ್ಯಾಯವಾಗಿ ಅದಕ್ಕೇ ಸಲ್ಲಬೇಕಿತ್ತು.

"ಹೋದ ಚಳಿಗಾಲ ದಿನಾ ನೀಲಿ ಬಾವುಟ, ದಿನಾ ಕಾರಣ ಕೇಳಿ ನೋಟಿಸು, ಭಾವೂ," ಎಂದ ಉಮಾನಾಥ ಮರಾಠಿಯಲ್ಲಿ. "ನಾನು ಔಷಧಿ ಕೊಡಲೋ, ಉತ್ತರ ಬರೆಯಲೋ?"

ಗೊಲ್ಲಾಳಪ್ಪ ಐಎಲ್ಆರ್ ಮುಚ್ಚಳ ತೆರೆದರು. ಒಳಗಿನ ಥರ್ಮಾಮೀಟರು ಮೈನಸ್ ಎರಡು ತೋರಿಸುತ್ತಿತ್ತು. ತಳದಲ್ಲಿ ಹೆಪ್ಪುಗಟ್ಟೀತೆಂದು ಮಕ್ಕಳಿಗೆ ಹಾಕುವ ಪೆಂಟಾ ಲಸಿಕೆಯನ್ನು ಮೇಲಿನ ಬುಟ್ಟಿಯಲ್ಲೇ ಇಡಬೇಕು. ಬುಟ್ಟಿಯಲ್ಲಿ ಒಂದು ಸಾಲಷ್ಟೇ ಇತ್ತು, ಉಳಿದದ್ದೆಲ್ಲ ತಳದಲ್ಲಿ. ಎರಡು ಸೀಸೆಗಳು ಕಲ್ಲಿನಂತೆ ಗಟ್ಟಿಯಾಗಿದ್ದವು. ಬಗ್ಗಿ ಥರ್ಮೋಸ್ಟಾಟಿನ ಗುಂಡಿ ನೋಡಿದರು. ಕೊನೆಯ ಗೆರೆಗೆ ತಿರುಗಿತ್ತು.

ತಿರುಗಿಸಿದ್ದು ಅವರದೇ ಕೈ. ಮೇ ತಿಂಗಳಲ್ಲಿ, ದಿನಕ್ಕೆ ಎಂಟು ತಾಸು ಕರೆಂಟು ಹೋಗುತ್ತಿದ್ದಾಗ, ಜಿಲ್ಲೆಯ ತುಂಬ ತಿರುಗಾಡಿ ಪ್ರತಿ ಗುಂಡಿಯನ್ನೂ ಪೂರ್ತಿ ತಂಪಿಗೆ ತಿರುಗಿಸಿದ್ದರು. ದೀಪಾವಳಿಯ ನಂತರ ತಿರುಗಿಸಿ ಸರಿಮಾಡುವ ಸುತ್ತಿನಲ್ಲಿ ಈ ಕೇಂದ್ರವನ್ನು ಬಿಟ್ಟಿದ್ದರು. ಯಾಕೆಂದರೆ ವರದಿಯಲ್ಲಿ ಇದು ನೂರಕ್ಕೆ ನೂರು ಇತ್ತು. ಸೆಕೆಗೆ ಅಂಜುವ ನಮ್ಮ ಇಲಾಖೆಯಲ್ಲಿ ಚಳಿಗೆ ಅಂಜಿದವರು ಕಡಿಮೆ.

"ನಾಳೆ ಬುಧವಾರ, ಚುಚ್ಚೋ ದಿನ. ಈ ಲಸಿಕಿ ಎಲ್ಲಿಗೆ ಹೋಗತೈತ್ರಿ?" ಎಂದು ಕೇಳಿದರು.

"ಹೆದ್ದಾರಿಯ ಕೆಲಸದವರ ಕ್ಯಾಂಪಿಗೆ. ನಲವತ್ತು ಮಕ್ಕಳು. ಎಲ್ಲ ನಿಮ್ಮ ಕಡೆಯವರೇ."

ಅಷ್ಟರಲ್ಲಿ ವೈದ್ಯಾಧಿಕಾರಿ ಡಾಕ್ಟರ್ ಅರವಿಂದ ಬಂದರು. ವಿಷಯ ಕೇಳಿ ಬಾಗಿಲು ಮುಂದೆ ಮಾಡಿದರು.

"ವರ್ಷದ ಮೌಲ್ಯಮಾಪನಕ್ಕೆ ಇನ್ನು ಹನ್ನೆರಡು ದಿನ. ಗುಂಡಿ ಸರಿಮಾಡಿ. ತಳದ ಸೀಸೆ ತೆಗೆದುಹಾಕೋಣ, ಒಡೆದವು ಅಂತ ಬರೆಯೋಣ. ಬುಟ್ಟಿಯವು ನಾಳೆಗೆ ಸಾಕು, ನೋಡಿ, ಸೀಸೆಯ ಮೇಲಿನ ಗುರುತು ಬೆಳ್ಳಗೇ ಇದೆ, ಕೆಟ್ಟಿದ್ದರೆ ಕಪ್ಪಾಗುತ್ತಿತ್ತು."

"ಆ ಗುರುತು ಬಿಸಿಲು ಹೇಳತೈತ್ರಿ, ಚಳಿ ಹೇಳಂಗಿಲ್ಲ. ಕಲ್ಲಾದರೂ ಬೆಳ್ಳಗ ಇರತೈತಿ."

"ಗೊಲ್ಲಾಳಪ್ಪ, ಮೇ ತಿಂಗಳ ಭೇಟಿ ಪುಸ್ತಕದಲ್ಲಿ ನಿಮ್ಮ ಸಹಿ ಇದೆ. ನಿಮ್ಮ ಗುತ್ತಿಗೆಯ ಆರ್ಡರ್ ಜನವರಿಯಲ್ಲಿ ಮುಗಿಯುತ್ತದಲ್ಲವೇ?" ಡಾಕ್ಟರರ ದನಿಯಲ್ಲಿ ಬೆದರಿಕೆ ಇರಲಿಲ್ಲ. ಹಿತೈಷಿಗಳು ಹಾಗೆಯೇ ಮಾತನಾಡುತ್ತಾರೆ.

ಗೊಲ್ಲಾಳಪ್ಪ ದೂರು ಬರೆಯಲಿಲ್ಲ, ಯಾರಿಗೂ ಫೋನ್ ಮಾಡಲಿಲ್ಲ. ಪಕ್ಕದ ಕೋಣೆಗೆ ಹೋಗಿ ಸೆನ್ಸರನ್ನು ಚಟ್ನಿಯ ಪಕ್ಕದಿಂದ ಎಬ್ಬಿಸಿ, ಒರೆಸಿ, ತಂದು ಐಎಲ್ಆರ್ ಒಳಗೆ ಲಸಿಕೆಯ ನಡುವೆ ಇಟ್ಟು ಮುಚ್ಚಳ ಹಾಕಿದರು.

"ಇದರ ಜಾಗಾ ಇದು," ಎಂದರು. "ಸೆನ್ಸರ್ ತಣ್ಣಗಾಗಾಕ ಇಪ್ಪತ್ತು ಮಿನಿಟು, ಆಮ್ಯಾಲೆ ಒಂದು ತಾಸು. ಅಷ್ಟರೊಳಗ ನೀವು ತೆಗೀಬೇಕಂದ್ರ ತೆಗೀರಿ. ನಾನು ಇಲ್ಲೇ ಕುಂತಿರತೇನಿ."

ಉಮಾನಾಥ ಚಹಾ ತರಿಸಿದ. ಮೂವರೂ ಗಡಿಯಾರ ನೋಡುತ್ತ ಕುಡಿದರು. ಗೊಲ್ಲಾಳಪ್ಪ ಗಟ್ಟಿಯಾಗಿದ್ದ ಒಂದು ಸೀಸೆಯನ್ನು ಅಂಗೈಯಲ್ಲಿ ಹಿಡಿದು ಕರಗಿಸಿದರು. ಪೂರ್ತಿ ನೀರಾದ ಮೇಲೆ ಅದನ್ನೂ, ಡಾಕ್ಟರರು ನಾಳೆಗೆ ಸಾಕೆಂದ ಬುಟ್ಟಿಯಿಂದ ಅದೇ ಬ್ಯಾಚಿನ ಇನ್ನೊಂದನ್ನೂ ಒಟ್ಟಿಗೆ ಕುಲುಕಿ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ಕೆಡದ ಲಸಿಕೆಯಾದರೆ ಮಜ್ಜಿಗೆಯಂತೆ ಬಹಳ ಹೊತ್ತು ಮಬ್ಬಾಗಿಯೇ ಇರುತ್ತದೆ. ಒಮ್ಮೆ ಹೆಪ್ಪುಗಟ್ಟಿದ್ದು ಬೇಗನೆ ಒಡೆದು, ಮೇಲೆ ತಿಳಿ, ಕೆಳಗೆ ಗಷ್ಟು.

ಹದಿನೈದು ನಿಮಿಷಕ್ಕೆ ಕಲ್ಲಾಗಿದ್ದ ಸೀಸೆಯಲ್ಲಿ ಗಷ್ಟು ತಳಕ್ಕಿಳಿಯಿತು. ಡಾಕ್ಟರರು ಎರಡನೆಯದನ್ನು ಬೆಳಕಿಗೆ ಹಿಡಿದು ನೋಡಿದರು. ಅದರಲ್ಲೂ ಅಷ್ಟೇ ತಿಳಿ, ಅಷ್ಟೇ ಗಷ್ಟು. ಹೆಪ್ಪುಗಟ್ಟಿ, ಯಾವಾಗಲೋ ಕರಗಿ, ಏನೂ ಅರಿಯದಂತೆ ಕೂತಿದ್ದ ಸೀಸೆ ಅದು.

"ಸರ್, ಇನ್ನೂ ಹೊತ್ತಿದೆ, ವಯರು ಎಳೆದುಬಿಡಲೇ?" ಎಂದ ಉಮಾನಾಥ.

ಡಾಕ್ಟರರು ಸೀಸೆಯನ್ನು ಮತ್ತೊಮ್ಮೆ ಕುಲುಕಿ ನೋಡಿದರು. ಅವರಿಗೂ ನಾಲ್ಕು ತಿಂಗಳ ಮಗಳಿದ್ದಳು. ಅವಳ ಲಸಿಕೆ ನಾಶಿಕದ ಖಾಸಗಿ ಆಸ್ಪತ್ರೆಯಲ್ಲಿ ಆಗುತ್ತಿತ್ತು, ಆ ಮಾತು ಬೇರೆ.

"ಬೇಡ. ಇರಲಿ," ಎಂದರು.

ಒಂದೂ ಇಪ್ಪತ್ತಕ್ಕೆ ಮೂವರ ಜೇಬೂ ಒಟ್ಟಿಗೆ ಗುಂಯ್ಗುಟ್ಟಿತು. ಎರಡೇ ನಿಮಿಷಕ್ಕೆ ಜ್ಯೋತ್ಸ್ನಾಳ ಫೋನು.

"ಕಾಕಾ, ಮಾದರಿ ಕೇಂದ್ರ ನೀಲಿ ಆಯ್ತು! ಸಾಹೇಬರು ಕೂಗಾಡತಾ ಇದ್ದಾರೆ, ಫೋಟೋ ತೆಗೀರಿ ಅಂದ್ರೆ ಬಾವುಟ ಯಾಕೆ ಹಾರಿಸಿದರು ಅಂತ."

"ಫೋಟೋನೂ ತೆಗದೇನವ್ವಾ. ಗುಂಡಿದು. ನಾನ ತಿರುವಿದ್ದು ಅಂತನೂ ಬರಕೋ."

ಮರುದಿನದ ವರದಿಯಲ್ಲಿ ಜಿಲ್ಲೆ ಮೊದಲ ಸ್ಥಾನದಿಂದ ಜಾರಿತು. ಐಎಲ್ಆರ್‌ನ ಪೆಂಟಾ ಎಲ್ಲ ನಾಶಕ್ಕೆ ಹೋಯಿತು. ಚಳಿ ಹಿಡಿದ ಮೇಲೆ ಆ ದಾಸ್ತಾನಿನಿಂದ ಚುಚ್ಚಿಸಿಕೊಂಡ ಮಕ್ಕಳಿಗೆ ಮತ್ತೆ ಹಾಕಬೇಕೆಂದು ಮೇಲಿನಿಂದ ಆದೇಶ ಬಂತು. ಇಲಾಖೆ ಪಾಠ ಕಲಿಯಿತು: ವರದಿಗೆ "ಸೆನ್ಸರ್ ಐಎಲ್ಆರ್ ಒಳಗಿದೆಯೇ" ಎಂಬ ಹೊಸ ಕಾಲಂ ಸೇರಿತು. ಎಲ್ಲ ಕೇಂದ್ರಗಳೂ ತಿಂಗಳ ಒಂದನೇ ತಾರೀಖಿಗೇ ಮೂವತ್ತೂ ದಿನಕ್ಕೆ "ಹೌದು" ಎಂದು ತುಂಬಿ ಕಳಿಸಿದವು. ಗೊಲ್ಲಾಳಪ್ಪನವರಿಗೆ ಕಾರಣ ಕೇಳಿ ನೋಟಿಸು ಬಂತು. ಅದಕ್ಕೆ ಅವರು ಬರೆದ ಉತ್ತರ ಒಂದೂವರೆ ಸಾಲು: ಮೇ ತಿಂಗಳಲ್ಲಿ ತಿರುಗಿಸಿದೆ, ನವೆಂಬರಿನಲ್ಲಿ ಮರಳಿಸಲಿಲ್ಲ, ವರದಿ ನಂಬಿದೆ. ನಂಬಿಕೆ ತಪ್ಪೆಂದು ಬರೆದರೆ ವರದಿಯೂ ತಪ್ಪೆಂದಾಗುವುದರಿಂದ ಫೈಲು ಯಾರ ಮೇಜಿನ ಮೇಲೂ ನಿಲ್ಲದೆ ಸುತ್ತತೊಡಗಿತು. ಅದು ಸುತ್ತುತ್ತಿರುವಾಗಲೇ ಜನವರಿ ಬಂತು. ಹೊಸ ಆರ್ಡರು ಬರಲಿಲ್ಲ.

ಆದರೂ ಕ್ಯಾಂಪಿನ ಬುಧವಾರಕ್ಕೆ ಅವರು ನರ್ಸಮ್ಮನ ಜೊತೆ ಹೋದರು. ಸಂಬಳವಿಲ್ಲದ ದಿನ ಎಲ್ಲಿ ಹೋದರೂ ಯಾರೂ ಕೇಳುವಂತಿರಲಿಲ್ಲ. ತಗಡಿನ ಗುಡಿಸಲಿನ ಮುಂದೆ ಗುಂಡವ್ವ ಎಂಬ ಮುದುಕಿ ಮೊಮ್ಮಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತಿದ್ದಳು.

"ಹೋದ ತಿಂಗಳ ಚುಚ್ಚೀರಿ. ಮತ್ತ ಯಾಕ ಬಂದೀರಿ? ಈ ಕೂಸಿನ ತೊಡಿ ಅಂದ್ರ ನೀವು ಮತ್ತ ಮತ್ತ ಗಿರ್ಕಿ ಹೊಡಿಯೋ ರಸ್ತೇನು?"

"ಹೋದ ತಿಂಗಳ ಹಾಕಿದ್ದು ಸತ್ತಿತ್ತು, ಯವ್ವಾ. ಚಳಿಗೆ. ತಪ್ಪು ನಂದು."

"ತಪ್ಪು ನಿಂದು, ಚುಚ್ಚಿಸಿಕೊಳ್ಳೂದು ನನ್ನ ಮೊಮ್ಮಗಳು! ಚಲೋ ನ್ಯಾಯ ಐತಿ ನಿಮ್ಮ ಸರ್ಕಾರದ್ದು. ಮೊದಲ ನೀ ಚುಚ್ಚಿಸ್ಕೋ."

"ದೊಡ್ಡವರಿಗೆ ಬರಂಗಿಲ್ಲವ್ವಾ, ಇಲ್ಲಂದ್ರ ಚುಚ್ಚಿಸ್ಕೋತಿದ್ದೆ."

"ಈಗಿಂದು ಜೀವಂತ ಐತಿ ಅನ್ನೂದು ನಿನಗ ಹ್ಯಾಂಗ ಗೊತ್ತು? ಆವಾಗ್ಲೂ ಇದ ಬಾಯಿಲೆ ಹೇಳಿದ್ರು."

ಗೊಲ್ಲಾಳಪ್ಪ ಲಸಿಕೆಯ ಪೆಟ್ಟಿಗೆ ತೆರೆದರು. ಒಂದು ಐಸ್‌ಪ್ಯಾಕ್ ತೆಗೆದು ಮುದುಕಿಯ ಕಿವಿಯ ಹತ್ತಿರ ಕುಲುಕಿದರು. ಒಳಗೆ ನೀರು ಲೊಳಲೊಳ ಎಂದಿತು. "ಪೂರಾ ಬರ್ಫ ಇದ್ರ ಲಸಿಕಿ ಸಾಯತೈತಿ. ಇದರೊಳಗ ನೀರು ಆಡತೈತಿ ನೋಡು." ಆಮೇಲೆ ಒಂದು ಸೀಸೆ ಕುಲುಕಿ ಅವಳ ಅಂಗೈಯಲ್ಲೇ ಇಟ್ಟರು. "ನೀನ ನೋಡಕೋತ ನಿಲ್ಲು. ಮಜ್ಜಿಗಿ ಒಡದ್ರ ಚುಚ್ಚೂದು ಬ್ಯಾಡ."

ನರ್ಸಮ್ಮನಿಗೆ ಹೊತ್ತಾಗುತ್ತಿತ್ತು, ಮೂವತ್ತೊಂಬತ್ತು ಮಕ್ಕಳು ಉಳಿದಿದ್ದವು. ಗುಂಡವ್ವ ಅವಸರ ಮಾಡಲಿಲ್ಲ. ಸೀಸೆಯನ್ನು ಬಿಸಿಲಿನಿಂದ ಮರೆಮಾಡಿ, ಕಣ್ಣು ಕಿರಿದು ಮಾಡಿ, ಹತ್ತು ನಿಮಿಷ ನೋಡಿದಳು. ಜಿಲ್ಲೆಯಲ್ಲಿ ಆ ವರ್ಷ ಲಸಿಕೆಯನ್ನು ಅಷ್ಟು ಹೊತ್ತು ನೋಡಿದ ಮೇಲ್ವಿಚಾರಕರು ಬೇರೆ ಯಾರೂ ಇರಲಿಕ್ಕಿಲ್ಲ.

"ಒಡದಿಲ್ಲ," ಎಂದು ಸೀಸೆ ಮರಳಿಸಿ, ಸೆರಗು ಸರಿಸಿ, ಕೂಸಿನ ತೊಡೆ ಮುಂದೆ ಮಾಡಿದಳು.