ಇದು ತಲೆಯ ಎಣ್ಣೆಯೋ, ಬಾಟಲಿಯ ಎಣ್ಣೆಯೋ

ನಮ್ಮ ಹಾಸ್ಟೆಲಿನ ಅಕ್ಕೋರು ನನ್ನ ಜಡೆಯನ್ನು ಎರಡು ಬೆರಳಲ್ಲಿ ಸತ್ತ ಇಲಿಯ ಹಾಗೆ ಎತ್ತಿ ಹಿಡಿದಾಗಲೇ ನನಗೆ ಗೊತ್ತಾಯಿತು, ಇನ್ನು ಮುಚ್ಚಿಡುವುದು ಸಾಧ್ಯವಿಲ್ಲ ಎಂದು. ಕರಿ ಲಂಗದ ಮೇಲೆ, ಹೆಗಲ ಮೇಲೆ ಬಿಳಿ ಹೊಟ್ಟು. ಅವರು ಎಲ್ಲರೆದುರಿಗೇ ಹೇಳಿದರು: "ಇದು ಅಂಟುಜಡ್ಡು, ಎಲ್ಲಾರಿಗೂ ಹತ್ತತೈತಿ. ಮೂವತ್ತು ಹುಡಿಗ್ಯಾರು ಒಂದ ಜಮಖಾನಿ ಮ್ಯಾಲ ಮಲಗತಾರ. ಇವತ್ತ ಕೂದಲಾ ತಗಸೂದು, ನಾಳಿ ಬಸ್ಸಿಗೆ ಊರಿಗೆ ಕಳಸೂದು."

ಎಂಬತ್ತರ ದಶಕದ ನಡುವಿನ ಮಾತು. ನಾನು ಒಂಬತ್ತನೆಯ ಇಯತ್ತೆಯಲ್ಲಿದ್ದೆ. ಯರಗುಪ್ಪಿಯಿಂದ ನವಲಗುಂದಕ್ಕೆ ಓದಲು ಬಂದವಳು. ಬರುವಾಗ ಅಪ್ಪ ಒಂದೇ ಮಾತು ಹೇಳಿದ್ದ: "ಒಮ್ಮೆ ಹೊಳ್ಳಿ ಬಂದಿ ಅಂದ್ರ ಮತ್ತ ಕಳಸಂಗಿಲ್ಲ." ಅಪ್ಪ ಹಟವಾದಿ. ಕೂದಲು ಹೋದರೆ ಮತ್ತೆ ಬರುತ್ತದೆ, ಸಾಲೆ ಹೋದರೆ ಬರುವುದಿಲ್ಲ. ನನಗೆ ಆ ಹೊತ್ತಿಗೆ ಜೀವದಷ್ಟೇ ದೊಡ್ಡದಾಗಿದ್ದದ್ದು ಸಾಲೆ.

ಅಕ್ಕೋರು ಇದಕ್ಕೂ ಮೊದಲೇ ಒಂದು ಉಪಾಯ ಹೇಳಿದ್ದರು. ಹದಿನೈದು ದಿನದ ಹಿಂದೆ ನನ್ನ ತಲೆ ಮುಟ್ಟಿ ನೋಡಿ, ಬೆರಳಿಗೆ ಎಣ್ಣೆ ಹತ್ತಿದ್ದಕ್ಕೆ, "ಜಿಡ್ಡಿನ ತಲಿ, ಸಾಬೂನು ಹಚ್ಚಿ ಚಲೋತಂಗ ತಿಕ್ಕು" ಎಂದಿದ್ದರು. ನಾನು ತಿಕ್ಕಿದೆ. ಅವರು ಹೇಳಿದ್ದಕ್ಕಿಂತ ಹೆಚ್ಚೇ ತಿಕ್ಕಿದೆ. ತುರಿಕೆ ಇಮ್ಮಡಿಯಾಯಿತು.

ಕ್ಷೌರಿಕ ಕಾಕಾ ಪೆಟ್ಟಿಗೆ ಹಿಡಿದುಕೊಂಡು ಬಂದ. ವಯಸ್ಸಾದವನು, ಮಾತು ಕಡಿಮೆ. ಅಂಗಳದಲ್ಲಿ ಬಿಸಿಲಿಗೆ ಬೆನ್ನು ಮಾಡಿಸಿ ನನ್ನನ್ನು ಮಣೆಯ ಮೇಲೆ ಕೂಡಿಸಿದ. ಕತ್ತರಿಯ ಸಪ್ಪಳ ಕೇಳಿಸಿತೆಂದು ನಾನು ಕಣ್ಣು ಮುಚ್ಚಿದೆ. ಆದರೆ ಅವನು ಕತ್ತರಿಯನ್ನು ಬಾಜುಕ್ಕಿಟ್ಟು, ಹಣಿಗೆಯ ತುದಿಯಿಂದ ಬೈತಲೆ ತೆಗೆಯುತ್ತ ಹೋದ. ಒಂದು ಬೈತಲೆ, ಇನ್ನೊಂದು, ಮತ್ತೊಂದು.

"ಗಜಕರ್ಣ ಅಲ್ರಿ ಅಕ್ಕೋರ," ಎಂದ. "ಅದಾಗಿದ್ರ ದುಂಡಗ ಕೂದಲಾ ಮುರದು ಬೋಳ ಬೀಳತಿತ್ತು. ಹೇನಿನ ತತ್ತೀನೂ ಅಲ್ಲ. ತತ್ತಿ ಕೂದಲಕ್ಕ ಕಚ್ಚಿಕೊಂಡಿರತೈತಿ, ಇದು ಜಾಡಿಸಿದ್ರ ಉದರತೈತಿ."

"ಹಂಗಾರ ಜಿಡ್ಡು," ಎಂದರು ಅಕ್ಕೋರು. "ನಾ ಹೇಳಲಿಲ್ಲ?"

ಅವನು ಜೇಬಿನಿಂದ ಬೀಡಿ ಕಟ್ಟಿನ ತೆಳು ಕಾಗದ ತೆಗೆದು ನನ್ನ ನೆತ್ತಿಯ ಮೇಲೆ ಒತ್ತಿ ಹಿಡಿದ. ಬಿಸಿಲಿಗೆ ಎತ್ತಿದರೆ ರೂಪಾಯಿಯಗಲ ಎಣ್ಣೆಯ ಕಲೆ. ಅಕ್ಕೋರು ಗೆದ್ದವರಂತೆ ನೋಡಿದರು.

"ಎಣ್ಣಿ ಐತ್ರಿ, ಖರೆ," ಎಂದ ಕಾಕಾ. "ಆದ್ರ ಇದು ತಲೀದೋ, ಬಾಟ್ಲೀದೋ?"

ಅವನು ನನ್ನತ್ತ ಬಾಗಿ ಕೇಳಿದ: "ತಂಗಿ, ಎಣ್ಣಿ ಯಾವಾಗ ಹಚ್ಚಿದಿ?"

"ಮುಂಜಾನೆ," ಎಂದೆ. ಹೊಟ್ಟು ಕಾಣದಂತೆ ಮೆತ್ತಿಕೊಂಡಿದ್ದೆ, ಅದನ್ನು ಹೇಳಲಿಲ್ಲ.

"ವಾರಕ್ಕ ಎಷ್ಟ ಸಲ ತಲಿ ತೊಳಿತಿ?"

"ಐತವಾರಕ್ಕೊಮ್ಮೆ."

ಹಸೀ ಸುಳ್ಳು. ನಾನು ದಿನಾ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ತೊಳೆಯುತ್ತಿದ್ದೆ. ಅದೂ ಸಾಬೂನಿನಿಂದಷ್ಟೇ ಅಲ್ಲ. ಬಚ್ಚಲ ಬಾಜು ಡಬ್ಬಿಯಲ್ಲಿ ಬಟ್ಟೆ ಒಗೆಯುವ ಸೋಡಾ ಇರುತ್ತಿತ್ತು, ಅದರಿಂದ ಒಂದು ಮುಷ್ಟಿ ಕದ್ದು ನೀರಿಗೆ ಹಾಕಿ. ನನ್ನ ಬಾಜು ಕೂಡುತ್ತಿದ್ದ ಪ್ಯಾಟಿ ಹುಡುಗಿ ಒಂದು ದಿನ ಮೂಗು ಮುಚ್ಚಿಕೊಂಡು, "ನಿನ್ನ ಜಡಿ ಎಣ್ಣಿಗಾಣದಂಗ ನಾರತೈತಿ" ಎಂದಿದ್ದಳು. ಆಕೆಯನ್ನು ಬೈಯುವ ಧೈರ್ಯ ಬರಲಿಲ್ಲ, ಸಿಟ್ಟನ್ನು ನನ್ನ ತಲೆಯ ಮೇಲೆಯೇ ತೀರಿಸಿಕೊಂಡೆ. ಸೋಡಾ ಎಣ್ಣೆಯನ್ನು ಪೂರಾ ಎತ್ತುತ್ತಿತ್ತು. ತಾಸೊಂದರಲ್ಲಿ ನೆತ್ತಿ ಬಿಗಿದು ಉರಿಯುತ್ತಿತ್ತು, ಕೂದಲು ಆರಿದೊಡನೆ ಹೊಟ್ಟು ಉದುರುತ್ತಿತ್ತು, ಅದನ್ನು ಮುಚ್ಚಲು ಎಣ್ಣೆ. ಮರುದಿನ ಎಣ್ಣೆಯ ವಾಸನೆ ಹೋಗಿಸಲು ಮತ್ತೆ ಸೋಡಾ.

ಕಾಕಾ ನನ್ನ ಕಿವಿಯ ಹಿಂದೆ, ಕುತ್ತಿಗೆಯ ಮೇಲೆ ನೀರು ಹರಿದಿಳಿಯುವ ಜಾಗ ನೋಡಿದ. ಅಲ್ಲೆಲ್ಲ ಕೆಂಪಾಗಿತ್ತು. ಹುಬ್ಬು, ಮೂಗಿನ ಬಾಜು ಸವರಿ ನೋಡಿದ. ಜಿಡ್ಡಿನ ಹೊಟ್ಟಾದರೆ ಅಲ್ಲೂ ಏಳುತ್ತದಂತೆ, ಆದರೆ ಅಲ್ಲೇನೂ ಇರಲಿಲ್ಲ. ಆಮೇಲೆ ಅಕ್ಕೋರಿಗೆ ಹೇಳಿದ: "ಎಂಟ ದಿನಾ ಕೊಡ್ರಿ. ಇವತ್ತೊಮ್ಮೆ ಕಡ್ಲಿಹಿಟ್ಟ ಹಚ್ಚಿ ಮ್ಯಾಲಿನ ಎಣ್ಣಿ ತಗೀರಿ. ಆಮ್ಯಾಲ ಸಾಬೂನೂ ಬ್ಯಾಡ, ಎಣ್ಣೀನೂ ಬ್ಯಾಡ, ಬರೇ ನೀರು. ಜಿಡ್ಡಿನ ತಲಿ ಇದ್ರ ಎಂಟ ದಿನದಾಗ ಬುಡಕೆಲ್ಲಾ ಎಣ್ಣಿ ಒಸರತೈತಿ, ಹಳದಿ ಹೊಟ್ಟು ಉಗುರಿಗೆ ಮೆತ್ತತೈತಿ. ಹುಟ್ಟಾ ಒಣಾ ತಲಿ ಇದ್ರ ಎಣ್ಣಿ ಇಲ್ದ ಹಿಂಗ ಪುಡಿಪುಡಿ ಉದರಕೋಂತ ಇರತೈತಿ. ತೊಳಿಯೂದ್ರಾಗ ಏನರೆ ಹೆಚ್ಚು ಕಡಿಮಿ ಆಗಿದ್ರ, ತನ್ನಷ್ಟಕ್ಕ ತಾನ ಇಳಿತೈತಿ."

"ಇಳೀಲಿಲ್ಲಂದ್ರ?"

"ನನ್ನ ಕತ್ತರಿ ಎಲ್ಲಿ ಹೋಗತೈತ್ರಿ?"

ಅಕ್ಕೋರು ಒಪ್ಪಿದರು. ಆದರೆ ಅಪ್ಪನಿಗೆ ಕಾಗದ ಬರೆದು ಮೇಜಿನ ಮೇಲೆ, ಮಸಿದೌತಿಯ ಕೆಳಗೆ ಇಟ್ಟರು. ನನಗೆ ಪಡಸಾಲೆಯ ಮೂಲೆಯಲ್ಲಿ ಬೇರೆ ಹಾಸಿಗೆ, ಬೇರೆ ತಾಟು.

ಮೊದಲ ಮೂರು ದಿನ ನರಕ. ಕೈ ತಾನಾಗಿಯೇ ತಲೆಗೆ ಹೋಗುತ್ತಿತ್ತು. ಉಗುರು ತಾಗದಿರಲೆಂದು ಬೆರಳುಗಳ ಮೇಲೆ ಕೂಡುತ್ತಿದ್ದೆ. ಬುಧವಾರ ಪಡಸಾಲೆಯಲ್ಲಿ ಕೂತು ಗಣಿತ ಮಾಡುತ್ತಿದ್ದಾಗ ಬಚ್ಚಲ ಕಡೆಯಿಂದ ಅಕ್ಕೋರ ದನಿ ಕೇಳಿಸಿತು. ಬಟ್ಟೆ ಒಗೆಯಲು ಬರುತ್ತಿದ್ದ ಹೆಂಗಸಿಗೆ ಬೈಯುತ್ತಿದ್ದರು.

"ತಿಂಗಳಾ ಬರೂ ಸೋಡಾ ಹದಿನೈದ ದಿನಕ್ಕ ಖಾಲಿ! ಮನೀಗೆ ಒಯ್ತಿಯೇನು?"

"ದೇವ್ರಾಣಿ ಇಲ್ರಿ ಅಕ್ಕೋರ."

"ಐತವಾರ ತನಕಾ ನೋಡತೇನಿ. ಆಮ್ಯಾಲ ಬ್ಯಾರೆಯಾಕಿನ್ನ ಹುಡುಕತೇನಿ."

ನಾನು ಪುಸ್ತಕದಿಂದ ತಲೆ ಎತ್ತಲಿಲ್ಲ. ಹೇಳಿದರೆ ಕಳ್ಳಿ ಎಂದು ಊರಿಗೆ ಕಳಿಸುತ್ತಾರೆ, ಹೇಳದಿದ್ದರೆ ತಲೆ ನೆಟ್ಟಗಾಗಿ ಉಳಿದುಕೊಳ್ಳುತ್ತೇನೆ. ಲೆಕ್ಕ ಅಷ್ಟು ಸರಳವಾಗಿತ್ತು. ನಾಚಿಕೆಯಾಗುತ್ತದೆ ಈಗ ಬರೆಯಲು, ಆದರೆ ಆವತ್ತು ರಾತ್ರಿ ನನಗೆ ಚೆನ್ನಾಗಿ ನಿದ್ದೆ ಬಂತು. ತುರಿಕೆ ಇಳಿಯತೊಡಗಿತ್ತು.

ಐತವಾರ ಕಾಕಾ ಬಂದ. ಅದೇ ಮಣೆ, ಅದೇ ಬಿಸಿಲು. ನಲ್ಲಿಯ ಹತ್ತಿರ ಆ ಹೆಂಗಸು ಸೀರೆ ಎತ್ತಿ ಕಟ್ಟಿ ನಮ್ಮ ಜಂಪರುಗಳನ್ನು ಒಗೆಯುತ್ತಿದ್ದಳು. ಕಾಕಾ ಬೈತಲೆ ತೆಗೆದು ನೋಡಿದ, ಕಾಗದ ಒತ್ತಿ ಬಿಸಿಲಿಗೆ ಹಿಡಿದ. ಒಂದಿಷ್ಟು ಮಸುಕು ಹೊಳಪು ಬಿಟ್ಟರೆ ಕಲೆಯಿಲ್ಲ. ಕುತ್ತಿಗೆಯ ಕೆಂಪು ಮಾಸಿತ್ತು. ಜಾಡಿಸಿದರೆ ನಾಲ್ಕಾರು ಪುಡಿ ಬಿದ್ದವು, ಅಷ್ಟೇ.

"ಜಿಡ್ಡೂ ಅಲ್ಲ, ಒಣಾನೂ ಅಲ್ಲ. ಇದು ತೊಳಿಯೂದರ ಕಾರಭಾರ್ರಿ," ಎಂದ.

ಅಕ್ಕೋರು ಬಿಡುವವರಲ್ಲ. "ಎಲ್ಲಾರೂ ಅದ ನೀರು, ಅದ ಸಾಬೂನು ಹಚ್ಚತಾರ. ಇಕಿಗೊಬ್ಬಾಕಿಗೆ ಯಾಕ ಆತು?"

ಕಾಕಾ ಕತ್ತರಿಯನ್ನು ಅರಿವೆಯಲ್ಲಿ ಸುತ್ತುತ್ತ ಹೇಳಿದ: "ಅದನ್ನ ತಲಿ ಹೇಳಂಗಿಲ್ರಿ. ತಂಗೀನ ಹೇಳಬೇಕು."

ಬಟ್ಟೆ ಕುಸುಬುವ ಸಪ್ಪಳ ನಿಂತಿತು. ನಾನು ಆ ಹೆಂಗಸಿನ ಕಡೆಗೆ ನೋಡಬಾರದೆಂದುಕೊಂಡೇ ನೋಡಿದೆ. ಆಕೆಗೆ ಏನೂ ಗೊತ್ತಿರಲಿಲ್ಲ, ಸುಮ್ಮನೆ ದಣಿವಾರಿಸಿಕೊಳ್ಳುತ್ತಿದ್ದಳು.

"ಸೋಡಾ ಹಚ್ಚತಿದ್ದೆ," ಎಂದೆ. "ದಿನಾ. ಡಬ್ಬಿಯಾಗಿಂದು ನಾನ ಕದ್ದೇನ್ರಿ."

ಅಕ್ಕೋರ ಮುಖ ಕೆಂಪಾಯಿತು. ಒಳಗೆ ಹೋಗಿ ಕಾಗದ ತಂದರು. ಹರಿಯುತ್ತಾರೋ, ಟಪಾಲಿಗೆ ಹಾಕುತ್ತಾರೋ ತಿಳಿಯದೆ ನಾನು ಅವರ ಕೈಯನ್ನೇ ನೋಡುತ್ತಿದ್ದೆ. ಅವರು ಅದನ್ನು ನನಗೆ ಕೊಡಲಿಲ್ಲ, ಅಪ್ಪನಿಗೂ ಕಳಿಸಲಿಲ್ಲ. ಆ ಹೆಂಗಸಿನ ಮುಂದೆ ಹಿಡಿದು, "ನಿನಗ ಅಂದೇನಿ, ತಪ್ಪಾತು. ಇಕಿನ್ನ ಕಳಸೂದೋ ಇಟಗೊಳ್ಳೂದೋ, ನೀ ಹೇಳು" ಎಂದರು.

ಆಕೆ ಕಾಗದ ಮುಟ್ಟಲಿಲ್ಲ. ನನ್ನ ಹತ್ತಿರ ಬಂದು ಎರಡೂ ಅಂಗೈ ನನ್ನ ಮುಖದ ಮುಂದೆ ಹಿಡಿದಳು. ಬೆರಳಿನ ಸಂದಿಯೆಲ್ಲ ಬಿರಿದು ಕೆಂಪಾಗಿತ್ತು, ಅಂಗೈಯ ಅಂಚಿನಲ್ಲಿ ಚರ್ಮ ಬಿಳಿ ಪುಡಿಯಾಗಿ ಏಳುತ್ತಿತ್ತು. ನನ್ನ ನೆತ್ತಿಯ ಹೊಟ್ಟೇ ಅದು. ಎರಡು ವರ್ಷದಿಂದ ದಿನಾ ನನ್ನ ಒಗೆದ ಬಟ್ಟೆಯನ್ನು ಅದೇ ಕೈಯಿಂದ ಈಸಿಕೊಳ್ಳುತ್ತ ಬಂದಿದ್ದೆ.

"ಹುಚ್ಚಿ," ಎಂದಳು, "ಹಚ್ಚಿಕೊಳ್ಳೂಕಿಂತ ಮೊದಲ ಒಮ್ಮೆರೆ ನನ್ನ ಕೈ ನೋಡಬಾರದಾಗಿತ್ತಾ?"

ಆಮೇಲೆ ಅಕ್ಕೋರ ಕಡೆ ತಿರುಗಿ, "ಇರಲಿ ಬಿಡ್ರಿ, ಓದಲಿ" ಎಂದು ಹೇಳಿ ಮತ್ತೆ ನಲ್ಲಿಯ ಹತ್ತಿರ ಹೋಗಿ ಕೂತಳು.